ಪಾಲು ಬಿಟ್ಟು ಹೋಗುವವನಿಗೆ ಗೋಡೌನಿನ ಮಾಲಿಗೆ ಯಾವ ಬೆಲೆ?

ಬೆಂಗಳೂರಿನ ಪೀಣ್ಯ, ವೈಟ್‌ಫೀಲ್ಡ್, ಇಲೆಕ್ಟ್ರಾನಿಕ್ ಸಿಟಿ ಕಡೆ ನಮ್ಮವರು ಪಾಲಿನಲ್ಲಿ ಅಂಗಡಿ ಹಾಕುವುದು ಹೊಸತೇನಲ್ಲ. ಭಾವ, ಅಳಿಯ, ಊರಿನ ಒಬ್ಬ ಗೆಳೆಯ ಸೇರಿ ಮೂರು ಪಾಲು. ಕೆಲವು ವರ್ಷದ ನಂತರ ಒಬ್ಬರು ಗಲ್ಫಿಗೆ ಹೊರಡುತ್ತಾರೆ, ಇಲ್ಲವೇ ಊರಿಗೆ ಮರಳುತ್ತಾರೆ. ಆಗ ಬಾಕಿ ಸಾಲ, ಅಡ್ವಾನ್ಸ್, ಬ್ಯಾಂಕಿನ ದುಡ್ಡು ಎಲ್ಲ ಸುಲಭವಾಗಿ ಲೆಕ್ಕವಾಗುತ್ತದೆ. ಜಗಳ ಬರುವುದು ಗೋಡೌನಿನಲ್ಲಿ ಉಳಿದ ಮಾಲಿಗೆ ಯಾವ ಬೆಲೆ ಕಟ್ಟುವುದು ಎಂಬಲ್ಲಿ. ಇದಕ್ಕೆ ಎರಡು ದಾರಿಗಳಿವೆ. ಒಂದು, ಮೊದಲು ಬಂದದ್ದು ಮೊದಲು ಹೋಯಿತು ಎಂದು ಹಿಡಿಯುವ ಫಿಫೊ. ಇನ್ನೊಂದು, ಎಲ್ಲ ಖರೀದಿಯನ್ನು ಬೆರೆಸಿ ತೆಗೆಯುವ ತೂಕದ ಸರಾಸರಿ. ಈ ಆಯ್ಕೆಯನ್ನು ಆಡಿಟರ್‌ಗೆ ಬಿಟ್ಟು ಕೂರದೆ ಪಾಲುಪತ್ರದಲ್ಲೇ ಬರೆದಿಡಬೇಕು ಎಂಬುದು ನಮ್ಮ ಅಭಿಪ್ರಾಯ.

ಮಾತಿಗಿಂತ ಲೆಕ್ಕವೇ ಇದನ್ನು ಚೆನ್ನಾಗಿ ಹೇಳುತ್ತದೆ. ಪೀಣ್ಯದಲ್ಲಿ ಫ್ಯಾಬ್ರಿಕೇಶನ್ ಶೆಡ್‌ಗಳಿಗೆ ಕಬ್ಬಿಣ ಮಾರುವ ಒಂದು ಅಂಗಡಿ ಎಂದಿಟ್ಟುಕೊಳ್ಳೋಣ. ಎಂ.ಎಸ್. ಆಂಗಲ್ ಒಂದೇ ಐಟಂ ನೋಡೋಣ. ಅಂಕಿಗಳು ನಾವು ಲೆಕ್ಕಕ್ಕಾಗಿ ಹಾಕಿಕೊಂಡವು. 2021ರ ಏಪ್ರಿಲ್‌ನಲ್ಲಿ ಕಿಲೋಗೆ 60 ರೂಪಾಯಿಯಂತೆ 4,000 ಕಿಲೋ ತಂದರು. ಅಕ್ಟೋಬರ್‌ನಲ್ಲಿ 68ರಂತೆ 3,000 ಕಿಲೋ. 2022ರ ಮಾರ್ಚ್‌ನಲ್ಲಿ ರೇಟು ಏರಿ 80ರಂತೆ ಇನ್ನೂ 3,000 ಕಿಲೋ. ಒಟ್ಟು 10,000 ಕಿಲೋ, 6,84,000 ರೂಪಾಯಿ. ವರ್ಷದಲ್ಲಿ 6,500 ಕಿಲೋ ಮಾರಿ 5,20,000 ರೂಪಾಯಿ ಬಂತು. ಮಾರ್ಚ್ 31ಕ್ಕೆ ಉಳಿದದ್ದು 3,500 ಕಿಲೋ.

ಫಿಫೊ ಪ್ರಕಾರ ಹಳೆಯದೆಲ್ಲ ಹೋಗಿದೆ, ಉಳಿದದ್ದು ಹೊಸದು. ಹಾಗಾಗಿ ಮಾರ್ಚ್‌ನ 3,000 ಕಿಲೋಗೆ 80, ಅಕ್ಟೋಬರ್‌ನ 500 ಕಿಲೋಗೆ 68. ಸ್ಟಾಕ್ 2,74,000 ರೂಪಾಯಿ, ಒಟ್ಟು ಲಾಭ 1,10,000. ಇಡೀ ವರ್ಷದ ಸರಾಸರಿ ತೆಗೆದರೆ ಕಿಲೋಗೆ 68.40 ಬರುತ್ತದೆ. ಸ್ಟಾಕ್ 2,39,400, ಲಾಭ 75,400. ಮಾಲು ಅದೇ, ಬಿಲ್ ಅವೇ, ಮಾರಾಟ ಅದೇ. ಆದರೂ ಲಾಭದಲ್ಲಿ 34,600 ರೂಪಾಯಿ ವ್ಯತ್ಯಾಸ! ಇಂಥ ಹತ್ತು ಐಟಂ ಇದ್ದರೆ 3,46,000. ಮೂವರಲ್ಲಿ ಒಬ್ಬನ ಪಾಲಿಗೆ 1,15,000 ರೂಪಾಯಿಗೂ ಮೇಲೆ.

ಸರಾಸರಿಯಲ್ಲೂ ಎರಡು ಬಗೆ ಇದೆ ಎಂಬುದು ಹೆಚ್ಚಿನವರ ಗಮನಕ್ಕೆ ಬಂದಿಲ್ಲ. ವರ್ಷದ ಕೊನೆಗೆ ಒಮ್ಮೆ ತೆಗೆಯುವುದು ಒಂದು. ಹೊಸ ಲೋಡ್ ಬಂದಾಗಲೆಲ್ಲ ಆ ಹೊತ್ತಿಗೆ ಉಳಿದ ಮಾಲಿನೊಂದಿಗೆ ಬೆರೆಸಿ ಹೊಸ ಸರಾಸರಿ ಮಾಡಿಕೊಂಡು ಹೋಗುವುದು ಇನ್ನೊಂದು. ಇದನ್ನು ನಡೆಯುವ ಸರಾಸರಿ ಎನ್ನೋಣ. ನಮ್ಮ ಲೆಕ್ಕದ ಅಂಗಡಿ ಅಕ್ಟೋಬರ್ ಲೋಡಿಗೆ ಮೊದಲು 3,000 ಕಿಲೋ ಮಾರಿತ್ತು ಎಂದುಕೊಳ್ಳಿ. ಆಗ 60ರ ಮಾಲು 1,000 ಕಿಲೋ ಉಳಿದಿತ್ತು. ಅದಕ್ಕೆ 68ರ 3,000 ಸೇರಿ ಸರಾಸರಿ 66 ಆಯಿತು. ಮಾರ್ಚ್ ಲೋಡಿಗೆ ಮೊದಲು ಮತ್ತೆ 2,500 ಹೋಯಿತು. ಉಳಿದ 1,500 ಕಿಲೋಗೆ 80ರ 3,000 ಸೇರಿದಾಗ ಸರಾಸರಿ ಸುಮಾರು 75.33. ಕೊನೆಗೆ ಇನ್ನೊಂದು 1,000 ಮಾರಿದರು. ಉಳಿದ 3,500 ಕಿಲೋಗೆ 2,63,667 ರೂಪಾಯಿ. ಇದು ಫಿಫೊ ಮತ್ತು ವರ್ಷದ ಸರಾಸರಿ ಎರಡರ ನಡುವೆ ಬಂದು ನಿಂತಿತು.

ಇದರಲ್ಲಿ ಯಾವುದು ಕಳ್ಳಲೆಕ್ಕ ಎಂದು ಕೇಳಿದರೆ, ಯಾವುದೂ ಅಲ್ಲ. ನಮ್ಮ ದೇಶದ ಲೆಕ್ಕಪತ್ರ ಮಾನದಂಡ ಎ.ಎಸ್. 2 ಫಿಫೊವನ್ನೂ ಒಪ್ಪುತ್ತದೆ, ಸರಾಸರಿಯ ಎರಡೂ ಬಗೆಯನ್ನೂ ಒಪ್ಪುತ್ತದೆ. ಕೊನೆಗೆ ಬಂದದ್ದು ಮೊದಲು ಹೋಯಿತು ಎಂದು ಹಿಡಿಯುವುದಕ್ಕೆ ಮಾತ್ರ ಅವಕಾಶ ಇಲ್ಲ. ಯಾವ ದಾರಿ ಹಿಡಿದರೂ ಒಂದು ಮಿತಿ ಇದೆ. ಮಾರಿದರೆ ಕೈಗೆ ಬರುವ ಬೆಲೆ ಅಸಲಿಗಿಂತ ಕಡಿಮೆಯಾಗಿದ್ದರೆ ಆ ಕಡಿಮೆ ಬೆಲೆಯನ್ನೇ ಹಾಕಬೇಕು.

ಅಂಗಡಿ ನಡೆಸಿಕೊಂಡು ಹೋಗುವವರಿಗೆ ಈ ವ್ಯತ್ಯಾಸ ದೊಡ್ಡ ಸಂಗತಿಯಲ್ಲ. ಈ ವರ್ಷದ ಕೊನೆಯ ಸ್ಟಾಕೇ ಮುಂದಿನ ವರ್ಷದ ಮೊದಲ ಸ್ಟಾಕ್. ಈಗ ಹೆಚ್ಚು ಲಾಭ ತೋರಿಸಿದರೆ ಮುಂದಿನ ವರ್ಷ ಅಷ್ಟೇ ಕಡಿಮೆಯಾಗುತ್ತದೆ. ಎರಡು ವರ್ಷ ಕೂಡಿಸಿ ನೋಡಿದರೆ ಮಾಲು ಮಾರಿ ಮುಗಿದ ಮೇಲೆ ಎಲ್ಲ ಸಮ. ಆದರೆ ಮಾರ್ಚ್ 31ಕ್ಕೆ ಲೆಕ್ಕ ಮುಗಿಸಿ ಹೋಗುವವನಿಗೆ ಮುಂದಿನ ವರ್ಷ ಎಂಬುದೇ ಇಲ್ಲವಲ್ಲ ಮಾರಾಯ್ರೆ! ಅವನಿಗೆ ಅಂದಿನ ಅಂಕಿಯೇ ಕೊನೆಯದು.

ಉಳಿದವರ ಕಷ್ಟವನ್ನೂ ನೋಡಬೇಕು. 2022ರ ಮೇ 22ರಿಂದ ಕೇಂದ್ರ ಸರಕಾರ ಉಕ್ಕಿನ ಹಲವು ಬಗೆಗಳ ರಫ್ತಿಗೆ ಶೇ. 15 ಸುಂಕ ಹಾಕಿತು. ಹೊರದೇಶಕ್ಕೆ ಹೋಗಬೇಕಿದ್ದ ಮಾಲು ಇಲ್ಲೇ ಉಳಿಯಿತು, ರೇಟು ಇಳಿಯಿತು. ಅದೇ ವರ್ಷ ನವೆಂಬರ್ 19ಕ್ಕೆ ಆ ಸುಂಕ ತೆಗೆದರು. ಮಾರ್ಚ್ ಕೊನೆಗೆ ಒಬ್ಬ ಪಾಲುದಾರ ಹೋದ ಮೇಲೆ ನಮ್ಮ ಲೆಕ್ಕದ 3,500 ಕಿಲೋವನ್ನು ಉಳಿದ ಇಬ್ಬರು 70ರಂತೆ ಮಾರಬೇಕಾಯಿತು ಎಂದುಕೊಳ್ಳಿ. ಬಂದದ್ದು 2,45,000. ಫಿಫೊ ಬೆಲೆಗೆ ಪಾಲು ಕೊಟ್ಟಿದ್ದರೆ 29,000 ರೂಪಾಯಿ ನಷ್ಟ ಇಬ್ಬರ ತಲೆಗೆ. ವರ್ಷದ ಸರಾಸರಿಗೆ ಕೊಟ್ಟಿದ್ದರೆ 5,600 ಲಾಭ. ರೇಟು ಇಳಿಯದೆ ಇನ್ನೂ ಏರಿದ್ದರೆ ಹೋದವನು ಕೈಹಿಸುಕಿಕೊಳ್ಳಬೇಕಿತ್ತು. ಮುಂದೆ ರೇಟು ಎತ್ತ ಹೋಗುತ್ತದೆಂದು ಯಾರಿಗೂ ಗೊತ್ತಿಲ್ಲದಾಗಲೇ ದಾರಿಯನ್ನು ಒಪ್ಪಿಕೊಳ್ಳಬೇಕು. ಹೊರಡುವ ದಿನ ಕೂತು ಮಾತಾಡಿದರೆ ಪ್ರತಿಯೊಬ್ಬನೂ ತನಗೆ ಅನುಕೂಲವಾದ ಲೆಕ್ಕವನ್ನೇ ನ್ಯಾಯ ಎನ್ನುತ್ತಾನೆ.

"ಆಡಿಟರ್ ಎಲ್ಲ ನೋಡಿಕೊಳ್ಳುತ್ತಾರೆ" ಎಂಬ ಮಾತು ಕೇಳಿಬರುತ್ತದೆ. ಆಡಿಟರ್ ನೋಡುವುದು ತೆರಿಗೆಯನ್ನು. 44ಎಡಿ ಎಂದೇ ನಮ್ಮ ಬಾಯಲ್ಲಿ ಉಳಿದಿರುವ ಅಂದಾಜು ಲಾಭದ ದಾರಿಯಲ್ಲಿ ರಿಟರ್ನ್ ಹಾಕುವ ಸಣ್ಣ ಅಂಗಡಿಗೆ ವಹಿವಾಟಿನ ಶೇ. 8, ಡಿಜಿಟಲ್ ಪಾವತಿಗೆ ಶೇ. 6 ಲಾಭ ತೋರಿಸಿದರೆ ಸಾಕು. ಸ್ಟಾಕಿಗೆ ಯಾವ ದಾರಿಯಲ್ಲಿ ಬೆಲೆ ಕಟ್ಟಿದರೂ ಆ ತೆರಿಗೆ ಬದಲಾಗುವುದಿಲ್ಲ. ಅದಕ್ಕೇ ಅಲ್ಲಿ ಹಾಕುವ ಸ್ಟಾಕಿನ ಅಂಕಿ ಎಷ್ಟೋ ಸಲ ಬರೀ ಅಂದಾಜು. ಪಾಲು ಹಂಚಲು ಅಂಥ ಅಂಕಿಯನ್ನು ನಂಬಿಕೊಳ್ಳುವುದು ಸರಿಯಲ್ಲ.

ನ್ಯಾಯಾಲಯ ಏನು ಹೇಳಿದೆ? ಪಾಲುದಾರಿಕೆ ಪೂರ್ತಿ ಮುರಿದು ವ್ಯಾಪಾರ ನಿಂತರೆ ಸ್ಟಾಕಿಗೆ ಮಾರುಕಟ್ಟೆ ಬೆಲೆ ಹಾಕಬೇಕೆಂದು ಸುಪ್ರೀಂ ಕೋರ್ಟ್ 1991ರಲ್ಲಿ ಎ.ಎಲ್.ಎ. ಫರ್ಮ್ ಪ್ರಕರಣದಲ್ಲಿ ಹೇಳಿತು. ಒಬ್ಬ ಪಾಲುದಾರ ತೀರಿಕೊಂಡರೂ ಉಳಿದವರು ವ್ಯಾಪಾರ ನಿಲ್ಲಿಸದೆ ಮುಂದುವರಿಸಿದ ಶಕ್ತಿ ಟ್ರೇಡಿಂಗ್ ಪ್ರಕರಣದಲ್ಲಿ, 2001ರಲ್ಲಿ, ಅಸಲು ಅಥವಾ ಮಾರುಕಟ್ಟೆ ಬೆಲೆಯಲ್ಲಿ ಯಾವುದು ಕಡಿಮೆಯೋ ಅದು ಎಂದಿತು. ಎರಡೂ ತೆರಿಗೆಯ ಪ್ರಕರಣಗಳೇ. ಅಂಗಡಿ ತೆರೆದೇ ಇದ್ದು ಒಬ್ಬ ಮಾತ್ರ ಹೊರಡುವಾಗ ಪುಸ್ತಕದಲ್ಲಿರುವುದು ಅಸಲು. ಅಸಲು ಎಂದ ಕೂಡಲೇ, ಯಾವ ದಾರಿಯ ಅಸಲು ಎಂಬ ಪ್ರಶ್ನೆ ಮತ್ತೆ ಎದ್ದು ಕೂರುತ್ತದೆ.

ನಮ್ಮ ಸಲಹೆ ಇಷ್ಟು. ಕಬ್ಬಿಣ, ಪೈಪು, ವಯರ್, ಹಾರ್ಡ್‌ವೇರ್ ಅಂಗಡಿಗೆ ನಡೆಯುವ ಸರಾಸರಿ ಇರಲಿ. ಅಲ್ಲಿ ಹೊಸ ಬಂಡಲ್ ಹಳೆಯದರ ಮೇಲೆ ಬೀಳುತ್ತದೆ, ಹುಡುಗ ಮೇಲಿನದನ್ನೇ ಎಳೆದು ಕೊಡುತ್ತಾನೆ. ಹಳೆಯದೇ ಮೊದಲು ಹೋಯಿತು ಎಂದು ಹೇಳಲು ಆಧಾರವಿಲ್ಲ. ಮಾಲು ಬೆರೆತಿದೆ, ಬೆಲೆಯೂ ಬೆರೆಯಲಿ. ಇಲೆಕ್ಟ್ರಾನಿಕ್ ಸಿಟಿ, ವೈಟ್‌ಫೀಲ್ಡ್ ಕಡೆಯ ಸೂಪರ್ ಮಾರ್ಕೆಟ್, ಬೇಕರಿಗಳಿಗೆ ಫಿಫೊ ಹೊಂದುತ್ತದೆ. ಡೇಟು ಮುಗಿಯುವ ಮಾಲನ್ನು ಮುಂದಿಟ್ಟು ಮೊದಲು ಮಾರುವುದೇ ಅಲ್ಲಿನ ಪದ್ಧತಿ.

ಫಿಫೊ ಇಂದಿನ ರೇಟಿಗೆ ಹತ್ತಿರ, ಹೋಗುವವನಿಗೆ ಅದೇ ನ್ಯಾಯ ಎಂಬ ವಾದದಲ್ಲೂ ಹುರುಳಿದೆ. ಹಾಗೆ ಅನಿಸುವವರು ಹೊರಡುವ ದಿನದ ಮಾರುಕಟ್ಟೆ ಬೆಲೆಯನ್ನೇ ಕೊಡುವುದೆಂದು ಪತ್ರದಲ್ಲಿ ನೇರವಾಗಿ ಬರೆದುಕೊಳ್ಳಲಿ. ಅದನ್ನು ಫಿಫೊ ಎಂಬ ಹೆಸರಿನಲ್ಲಿ ಒಳಗೆ ತರುವುದು ಬೇಡ. ಕೊನೆಯ ಬಿಲ್ಲಿನ ರೇಟನ್ನು ಇಡೀ ಸ್ಟಾಕಿಗೆ ಹಾಕಿ ಇದೇ ಫಿಫೊ ಎನ್ನುವುದೂ ತಪ್ಪು. ನಮ್ಮ ಲೆಕ್ಕದಲ್ಲಿ ಹಾಗೆ ಮಾಡಿದರೆ 2,80,000 ಬರುತ್ತದೆ, ಸರಿಯಾದ ಫಿಫೊಗಿಂತ 6,000 ಹೆಚ್ಚು. ಉಳಿದ ತೂಕ ಕೊನೆಯ ಲೋಡಿಗಿಂತ ಜಾಸ್ತಿ ಇದ್ದೂ ಎಲ್ಲಕ್ಕೂ ಒಂದೇ ರೇಟು ಕಂಡರೆ ಅದು ಫಿಫೊ ಅಲ್ಲ ಎಂದು ತಿಳಿಯಿರಿ.

ಟ್ಯಾಲಿ ಇಟ್ಟವರು ಸ್ಟಾಕ್ ಐಟಂ ಪರದೆಯಲ್ಲಿ `Costing Method` ಎಂಬಲ್ಲಿ ಏನಿದೆ ನೋಡಿ. ಕಾಣದಿದ್ದರೆ `F12` ಒತ್ತಿದರೆ ಅದನ್ನು ತೋರಿಸುವ ಆಯ್ಕೆ ಸಿಗುತ್ತದೆ. ನಾವಾಗಿ ಬದಲಿಸದಿದ್ದರೆ ಅಲ್ಲಿ `Avg. Cost` ಇರುತ್ತದೆ. ಅದು ಯಾವ ಸರಾಸರಿ ಎಂಬ ಸಂಶಯವಿದ್ದರೆ ಬೇರೊಂದು ಕಂಪೆನಿ ತೆರೆದು ಮೇಲಿನ ಮೂರು ಖರೀದಿ, ಮೂರು ಮಾರಾಟವನ್ನು ಅದೇ ಕ್ರಮದಲ್ಲಿ ಹಾಕಿ. 2,39,400 ಬಂದರೆ ವರ್ಷದ ಸರಾಸರಿ, 2,63,667 ಬಂದರೆ ನಡೆಯುವ ಸರಾಸರಿ. ಲಾರಿ ಬಾಡಿಗೆ, ಹಮಾಲಿ ಅಸಲಿಗೆ ಸೇರಬೇಕು. ಮರಳಿ ಸಿಗುವ ಜಿಎಸ್‌ಟಿ ಸೇರಬಾರದು. ಕಿಲೋದಲ್ಲಿ ತಂದು ಉದ್ದದ ಲೆಕ್ಕದಲ್ಲಿ ಮಾರುವ ಅಂಗಡಿಯಲ್ಲಿ ವರ್ಷಕ್ಕೊಮ್ಮೆ ಉಳಿದದ್ದನ್ನು ತೂಗಲೇಬೇಕು. ತೂಕವೇ ತಪ್ಪಿದ್ದರೆ ಯಾವ ದಾರಿಯೂ ಸರಿಯಾದ ಅಂಕಿ ಕೊಡದು.

ಇದೇ ಅಂಕಿಯನ್ನು ಝಕಾತ್ ಲೆಕ್ಕಕ್ಕೂ ಎತ್ತಿಕೊಳ್ಳುವವರಿದ್ದಾರೆ. ಅದು ಬೇರೆ ಲೆಕ್ಕ. ವ್ಯಾಪಾರದ ಮಾಲಿಗೆ ಝಕಾತ್ ನೋಡುವುದು ಆ ದಿನದ ಮಾರುಕಟ್ಟೆ ಬೆಲೆಯ ಮೇಲೆ. ಫಿಫೊ, ಸರಾಸರಿ ಎರಡಕ್ಕೂ ಅಲ್ಲಿ ಕೆಲಸವಿಲ್ಲ.

ಪಾಲುಪತ್ರದಲ್ಲಿ ಹಾಕಬೇಕಾದದ್ದು ನಾಲ್ಕೇ ಸಾಲು. ಯಾವ ಬಗೆಯ ಮಾಲಿಗೆ ಯಾವ ದಾರಿ. ಸರಾಸರಿಯಾದರೆ ಯಾವ ಸರಾಸರಿ. ಎಲ್ಲರ ಸಹಿ ಇಲ್ಲದೆ ದಾರಿ ಬದಲಿಸುವಂತಿಲ್ಲ. ಯಾರಾದರೂ ಹೊರಡುವ ದಿನ ಎಲ್ಲ ಪಾಲುದಾರರ ಎದುರು ಸ್ಟಾಕ್ ತೂಗಿ ಪಟ್ಟಿಗೆ ಸಹಿ. ಪತ್ರ ಈಗಾಗಲೇ ಆಗಿದ್ದರೆ ಇದನ್ನು ಪೂರಕ ಪತ್ರವಾಗಿ ಸೇರಿಸಬಹುದು. ಮೂವರೂ ಒಂದೇ ಕೌಂಟರಿನಲ್ಲಿ ನಿಂತಿರುವಾಗ ಇದು ಅರ್ಧ ಗಂಟೆಯ ಕೆಲಸ. ಒಬ್ಬನ ವೀಸಾ ಬಂದ ಮೇಲೆ ಇದೇ ಮಾತು ಎರಡು ಮನೆಗಳ ನಡುವಿನ ಜಗಳವಾಗುತ್ತದೆ.