ವಜ್ರ ಮಹೋತ್ಸವದ ಉಡುಗೊರೆಯೂ ಮೊಮ್ಮಕ್ಕಳ ಲೆಕ್ಕವೂ

ನಮ್ಮ ಪಂಚಾಂಗದಲ್ಲಿ ಸಂವತ್ಸರಗಳು ಅರವತ್ತು. ಒಂದು ಸಂವತ್ಸರ ಕಳೆದರೆ ಅದೇ ಹೆಸರಿನದು ಮತ್ತೆ ಬರಲು ಅರವತ್ತು ವರ್ಷ ಹಿಡಿಯುತ್ತದೆ. ಅಜ್ಜ ಅಜ್ಜಿಯ ಮದುವೆಯಾದದ್ದು 1965ನೆಯ ಇಸವಿಯ ಮೇ ತಿಂಗಳಿನಲ್ಲಿ, ವಿಶ್ವಾವಸು ಸಂವತ್ಸರದ ವೈಶಾಖದಲ್ಲಿ. 2025ರ ಯುಗಾದಿಗೆ ಅದೇ ವಿಶ್ವಾವಸು ಮರಳಿ ಬಂದಿತು. ಗಂಡಸಿನ ವಯಸ್ಸಿಗೆ ಅರವತ್ತಾದರೆ ಷಷ್ಟ್ಯಬ್ದಿ ಮಾಡುವ ಪದ್ಧತಿ ಉಂಟು. ದಾಂಪತ್ಯಕ್ಕೇ ಅರವತ್ತಾದರೆ ಏನು ಮಾಡಬೇಕೆಂದು ನಮ್ಮ ಪುರೋಹಿತರೂ ಹೇಳಲಿಲ್ಲ. ಆದುದರಿಂದ ಅದು ಮೊಮ್ಮಕ್ಕಳ ಪಾಲಿಗೆ ಬಂದ ಕೆಲಸವಾಯಿತು. ತಿಥಿಯಂತೆ ಆಚರಿಸಬೇಕೆ, ತಾರೀಖಿನಂತೆಯೆ ಎಂಬುದೇ ಮೊದಲ ವಾದ. ಎರಡಕ್ಕೂ ಮೂರು ನಾಲ್ಕು ದಿನದ ಅಂತರವಿತ್ತು. ತಿಥಿಯ ದಿನ ಮನೆಯಲ್ಲಿ ಪೂಜೆ, ತಾರೀಖಿನ ದಿನ ಊಟ ಎಂದು ತೀರ್ಮಾನಿಸಿ ಎಲ್ಲರೂ ಸುಮ್ಮನಾದರು. ಹಣದ ವಾದ ಮಾತ್ರ ಅಷ್ಟು ಸುಲಭವಾಗಿ ಮುಗಿಯುವಂಥದಲ್ಲ. ಈ ಲೇಖನ ಅದರ ವಿಷಯವಾಗಿ.

ನಾವು ಹನ್ನೊಂದು ಜನ ಮೊಮ್ಮಕ್ಕಳು. ಇಂಗ್ಲಿಷಿನವರು ನಮ್ಮನ್ನೆಲ್ಲ ಒಂದೇ ಮಾತಿನಲ್ಲಿ ಕಸಿನ್ ಎಂದು ಮುಗಿಸಿಬಿಡುತ್ತಾರೆ. ನಮಗೆ ಅದು ಸಾಧ್ಯವಿಲ್ಲ. ದೊಡ್ಡಪ್ಪ, ಚಿಕ್ಕಪ್ಪಂದಿರ ಮಕ್ಕಳು ಅಣ್ಣ, ಅಕ್ಕ, ತಮ್ಮ, ತಂಗಿಯರು. ಅತ್ತೆಯ ಮಕ್ಕಳು ಭಾವ, ಅತ್ತಿಗೆಯರು. ಅತ್ತೆಯ ಮಗ ನ್ಯೂಜೆರ್ಸಿಯಲ್ಲಿ, ಮಗಳು ಟೆಕ್ಸಾಸಿನಲ್ಲಿ. ಚಿಕ್ಕಪ್ಪನ ಮಗ ದುಬೈಯಲ್ಲಿ. ನಾಲ್ವರು ಬೆಂಗಳೂರಿನಲ್ಲಿ ಬೇರೆ ಬೇರೆ ಸಂಬಳದ ಕೆಲಸಗಳಲ್ಲಿದ್ದಾರೆ. ದೊಡ್ಡಪ್ಪನ ಮಗಳು ಮಂಗಳೂರಿನ ಒಂದು ಆಸ್ಪತ್ರೆಯಲ್ಲಿ ದಾದಿ. ಆಕೆಯ ಅಣ್ಣ ಅರಕಲಗೂಡು ತಾಲ್ಲೂಕಿನ ನಮ್ಮ ಹಳ್ಳಿಯಲ್ಲೇ ಬೇಸಾಯಗಾರ. ಆ ವರ್ಷ ಶುಂಠಿ ಬೆಳೆದು ಕೈ ಸುಟ್ಟುಕೊಂಡಿದ್ದ. ಉಳಿದವರು ನಾನೂ ನನ್ನ ತಂಗಿಯೂ. ನಾನು ಈ ಕಾಲೇಜಿನ ವಿದ್ಯಾರ್ಥಿ, ಅವಳು ಪಿ.ಯು.ಸಿ.ಯಲ್ಲಿದ್ದಾಳೆ. ನಮ್ಮಿಬ್ಬರ ಆದಾಯವೆಂದರೆ ಅಪ್ಪ ಕೊಟ್ಟ ಬಸ್ಸಿನ ಹಣದಲ್ಲಿ ಮಿಗುವ ಚಿಲ್ಲರೆ.

ಇಂಥ ಕುಟುಂಬದಲ್ಲಿ ಮೊದಲು ಹುಟ್ಟುವ ಸಲಹೆ ಯಾವುದೆಂದು ವಾಚಕರು ಊಹಿಸಬಲ್ಲರು. ತಲೆಗೆ ಹತ್ತು ಸಾವಿರ ರೂಪಾಯಿ, ಒಟ್ಟು ಒಂದು ಲಕ್ಷ ಹತ್ತು ಸಾವಿರ. ಅಜ್ಜಿಗೆ ಚಿನ್ನದ ಸರ. ಸಲಹೆ ಬಂದದ್ದು ನ್ಯೂಜೆರ್ಸಿಯಿಂದ, ಅದರಲ್ಲಿ ಕಪಟವೇನೂ ಇರಲಿಲ್ಲ. ಆಗಿನ ಚಿನ್ನದ ಧಾರಣೆಯಲ್ಲಿ, ಮಜೂರಿ ಮತ್ತು ತೆರಿಗೆ ಕಳೆದರೆ, ಆ ಹಣಕ್ಕೆ ಬರುವುದು ಹನ್ನೊಂದು ಗ್ರಾಮಿನ ಒಳಗೇ ಎಂಬ ಮಾತು ಹಾಗಿರಲಿ. ಆ ಹತ್ತು ಸಾವಿರ ಭಾವನವರಿಗೆ ಒಂದು ಸಂಜೆಯ ಊಟದ ಬಿಲ್ಲು, ಹಳ್ಳಿಯ ಅಣ್ಣನಿಗೆ ಒಂದು ಬೆಳೆಯ ಗೊಬ್ಬರ. ಸಮಪಾಲು ಎಂಬುದು ಕೇಳಲು ನ್ಯಾಯವಾಗಿಯೇ ಇದೆ. ಆದರೆ ಕೊಡಲಾರದವನು 'ಆಗುವುದಿಲ್ಲ' ಎಂದು ಹತ್ತು ಜನರ ಎದುರಿಗೆ ಹೇಳಬೇಕಾಗುತ್ತದೆ, ಇಲ್ಲವೆ ಸಾಲ ಮಾಡಿ ಕೊಡಬೇಕಾಗುತ್ತದೆ. ನಮ್ಮಲ್ಲಿ ಬಹುಜನ ಎರಡನೆಯದನ್ನೇ ಮಾಡುತ್ತಾರೆ. ಇನ್ನು ಸಮಪಾಲನ್ನು ತೀರ ಕೆಳಗಿಳಿಸಿ ತಲೆಗೆ ಐನೂರು ಎಂದರೋ, ಒಟ್ಟು ಐದು ಸಾವಿರದ ಐನೂರು ಬಂದು, ಒಂದು ಶಾಲು, ಒಂದು ಹಾರ, ಒಂದು ಬುಟ್ಟಿ ಹಣ್ಣಿಗೆ ಮುಗಿಯುತ್ತದೆ.

ಆದಾಯಕ್ಕೆ ತಕ್ಕಂತೆ ಕೊಡಲಿ ಎಂದು ಬೆಂಗಳೂರಿನ ಒಬ್ಬ ಅಣ್ಣ ಹೇಳಿದ. ಇದು ಸರಕಾರ ತೆರಿಗೆ ಹಾಕುವ ಕ್ರಮ. ಸರಕಾರಕ್ಕೆ ನಮ್ಮ ಸಂಬಳ ಕೇಳುವ ಅಧಿಕಾರವಿದೆ, ಅತ್ತಿಗೆಗೆ ಇಲ್ಲ. ಸಂಬಳ ಗೊತ್ತಾದರೂ ತಲೆಯ ಮೇಲಿನ ಸಾಲ ಗೊತ್ತಾಗುವುದಿಲ್ಲ. ಇನ್ನೊಂದು ಸಲಹೆ ಮೇಲ್ನೋಟಕ್ಕೆ ಬಹಳ ಸೌಜನ್ಯದ್ದಾಗಿತ್ತು: 'ಹಳ್ಳಿಯಲ್ಲಿರುವವನು ಹಣ ಕೊಡುವುದು ಬೇಡ, ಓಡಾಟ ಮಾಡಿಕೊಡಲಿ.' ನನಗೆ ಎಲ್ಲಕ್ಕಿಂತ ಒಪ್ಪಿಗೆಯಾಗದೆ ಇದ್ದದ್ದು ಇದೇ. ಓಡಾಟವನ್ನು ಅವನು ಹೇಗೂ ಮಾಡುತ್ತಾನೆ, ವರ್ಷವಿಡೀ ಮಾಡುತ್ತಲೇ ಇದ್ದಾನೆ. ಅದನ್ನು ಹಣಕ್ಕೆ ಬದಲು ಎಂದು ಎಣಿಸಿದರೆ, ಕೊಡುವವರ ಸಾಲಿನಿಂದ ಅವನನ್ನು ಎಬ್ಬಿಸಿ ಕೂಲಿಯವರ ಸಾಲಿನಲ್ಲಿ ಕೂರಿಸಿದಂತಾಗುತ್ತದೆ.

ಈ ತೊಡಕಿನ ಬೇರು ಮುಯ್ಯಿಯಲ್ಲಿದೆ ಎಂದು ನಾನು ತಿಳಿದಿದ್ದೇನೆ. ನಮ್ಮ ಮದುವೆಮನೆಗಳಲ್ಲಿ ಒಬ್ಬರು ಪುಸ್ತಕ ಹಿಡಿದು ಕುಳಿತು ಯಾರು ಎಷ್ಟು ಮುಯ್ಯಿ ಮಾಡಿದರೆಂದು ಬರೆದುಕೊಳ್ಳುವುದುಂಟಷ್ಟೆ. ಅದನ್ನು ಹಗುರವಾಗಿ ಕಾಣಬೇಕಾಗಿಲ್ಲ. ಬಂದದ್ದನ್ನು ಮುಂದೆ ಅವರ ಮನೆಯ ಮದುವೆಯಲ್ಲಿ ಹಿಂದಿರುಗಿಸಬೇಕಾಗಿರುವುದರಿಂದ ಮೊತ್ತವನ್ನು ಬರೆಯಲೇಬೇಕು. ಅದೊಂದು ಬಡ್ಡಿಯಿಲ್ಲದ ಕೈಗಡ. ಆದರೆ ಎಂಬತ್ತು ದಾಟಿದ ಅಜ್ಜನಿಗೆ ಕೊಟ್ಟದ್ದು ಯಾರಿಗೂ ತಿರುಗಿ ಬರುವುದಿಲ್ಲ. ತಿರುಗಿ ಬಾರದ ಮೇಲೆ ಯಾರು ಎಷ್ಟು ಕೊಟ್ಟರೆಂದು ತಿಳಿಯುವ ಆವಶ್ಯಕತೆ ಯಾರಿಗಿದೆ?

ಹೀಗೆ ವಾದಿಸಿ ನಾವು ಹಿಡಿದ ದಾರಿ ಇದು. ಹಣ ಸಂಗ್ರಹಿಸುವ ಕೆಲಸವನ್ನು ಮಂಗಳೂರಿನ ಅಕ್ಕನಿಗೆ ಒಪ್ಪಿಸಿದೆವು. ಆಕೆ ನಮ್ಮಲ್ಲಿ ಅತಿ ಅನುಕೂಲಸ್ಥಳೂ ಅಲ್ಲ, ಅತಿ ಬಡವಳೂ ಅಲ್ಲ. ಹಳ್ಳಿಯಲ್ಲೂ ಇಲ್ಲ, ಪರದೇಶದಲ್ಲೂ ಇಲ್ಲ. ಎಲ್ಲಕ್ಕಿಂತ ಮುಖ್ಯವಾಗಿ, ಕೇಳಿದ್ದನ್ನು ಹೊಟ್ಟೆಯಲ್ಲಿಟ್ಟುಕೊಳ್ಳಬಲ್ಲವಳು. ಪ್ರತಿಯೊಬ್ಬರೂ ಆಕೆಗೆ ಮಾತ್ರ ಗುಟ್ಟಾಗಿ ಎರಡು ಅಂಕಿಗಳನ್ನು ತಿಳಿಸಬೇಕು. ಒಂದು, ಕೊಟ್ಟ ಮೇಲೆ ನೆನಪೇ ಆಗದಂಥ ಮೊತ್ತ. ಇನ್ನೊಂದು, ಇದಕ್ಕಿಂತ ಒಂದು ರೂಪಾಯಿ ಹೆಚ್ಚಾದರೂ ತೊಂದರೆ ಎನ್ನುವಂಥ ಮೊತ್ತ. ಮೊದಲ ಅಂಕಿಗಳ ಮೊತ್ತ 68,000 ರೂಪಾಯಿ, ಎರಡನೆಯವುಗಳದು 1,02,000. ನಮಗೆ ತಿಳಿದದ್ದು ಈ ಎರಡು ಮೊತ್ತಗಳು ಮಾತ್ರ. ಅರವತ್ತೆಂಟು ಸಾವಿರದ ಒಳಗೆ ಏನು ಸಾಧ್ಯವೋ ಅದನ್ನು ಆರಿಸುವುದು. ಮೀರಿದರೆ ಮಾತ್ರ ನಡುವಿನ ಮೂವತ್ತನಾಲ್ಕು ಸಾವಿರಕ್ಕೆ ಕೈ ಹಾಕುವುದು ಎಂದಾಯಿತು. ಮೊದಲು ವಸ್ತುವನ್ನು ಆರಿಸಿ ಆಮೇಲೆ ಹಣ ಕೇಳುವ ಕ್ರಮದಲ್ಲಿ ವಸ್ತುವಿನ ಬೆಲೆಯೇ ಬಡವನ ಕತ್ತಿನ ಮೇಲೆ ಕೂರುತ್ತದೆ, ಇಲ್ಲಿ ಹಾಗಲ್ಲ.

ಪರದೇಶದವರೊಡನೆ ಮಾತುಕತೆಗೆ ಶನಿವಾರ ರಾತ್ರಿ ಒಂಬತ್ತು ಗಂಟೆ ಅನುಕೂಲವೆನಿಸಿತು. ಆಗ ದುಬೈಯಲ್ಲಿ ಏಳೂವರೆ, ನ್ಯೂಜೆರ್ಸಿಯಲ್ಲಿ ಬೆಳಗಿನ ಹನ್ನೊಂದೂವರೆ, ಟೆಕ್ಸಾಸಿನಲ್ಲಿ ಹತ್ತೂವರೆ. ಅವರು ಮೂವರಿಗೂ ಭಾರತದಲ್ಲಿ ಅನಿವಾಸಿ ಖಾತೆಗಳಿದ್ದುದರಿಂದ ಡಾಲರನ್ನು ಹೊಸದಾಗಿ ರೂಪಾಯಿ ಮಾಡುವ ಖರ್ಚು ಬೀಳಲಿಲ್ಲ. ಕಾನೂನಿನ ಒಂದು ಸಂಗತಿ ಇಲ್ಲಿ ತಿಳಿದಿರಬೇಕು. ಮೊಮ್ಮಕ್ಕಳು ಅಜ್ಜ ಅಜ್ಜಿಗೆ ಎಷ್ಟೇ ಕೊಟ್ಟರೂ ಪಡೆದವರ ಮೇಲೆ ಆದಾಯ ತೆರಿಗೆಯಿಲ್ಲ. ಆದರೆ ಆ ಕಾನೂನಿನ 'ಸಂಬಂಧಿ' ಪಟ್ಟಿಯಲ್ಲಿ ಚಿಕ್ಕಪ್ಪನ ಮಗ, ಅತ್ತೆಯ ಮಗ ಬರುವುದಿಲ್ಲ; ಅಂಥವರಿಂದ ಒಂದು ವರ್ಷದಲ್ಲಿ ಐವತ್ತು ಸಾವಿರಕ್ಕಿಂತ ಹೆಚ್ಚು ಉಡುಗೊರೆಯಾಗಿ ಬಂದರೆ ಅದಕ್ಕೆ ತೆರಿಗೆಯುಂಟು. ಅಕ್ಕನ ಖಾತೆಗೆ ಬಂದದ್ದು ಆಕೆಗೆ ಉಡುಗೊರೆಯಲ್ಲ, ಇನ್ನೊಬ್ಬರ ಪರವಾಗಿ ಇಟ್ಟುಕೊಂಡದ್ದು. ಅದಕ್ಕೆ ಆಧಾರವಿರಲೆಂದು ಪ್ರತಿಯೊಬ್ಬರೂ ಕಳುಹಿಸುವಾಗಲೇ ಉದ್ದೇಶವನ್ನು ಬರೆದರು, ಆಕೆ ರಸೀತಿಗಳನ್ನೆಲ್ಲ ಜೋಪಾನ ಮಾಡಿದಳು.

ಇನ್ನು ಉಡುಗೊರೆ ಏನು? ಹಳ್ಳಿಯ ಅಣ್ಣ ಹೇಳಿದ: 'ಅಜ್ಜಿಗೆ ಸರ ಬೇಡ, ಕೂತರೆ ಏಳುವುದಕ್ಕೆ ಆಗುತ್ತಿಲ್ಲ.' ದಿನವೂ ನೋಡುವವನಿಗೆ ಮಾತ್ರ ತಿಳಿಯುವ ಸಂಗತಿ ಇದು. ಪಾಯಿಖಾನೆ ಹಿತ್ತಿಲಲ್ಲಿದೆ, ನಡುವೆ ಎರಡು ಮೆಟ್ಟಿಲು. ಕುಕ್ಕರುಗಾಲಿನಲ್ಲಿ ಕೂರುವ ಹಳೆಯ ಮಾದರಿ. ಬಚ್ಚಲುಮನೆಯ ಕಲ್ಲುಹಾಸು ಪಾಚಿಗೆ ಜಾರುತ್ತದೆ. ಮನೆಗೆ ಸೇರಿದಂತಿರುವ ಬಚ್ಚಲಲ್ಲೇ ಕಮೋಡು, ಜಾರದ ನೆಲ, ಹಿಡಿದು ಏಳಲು ಸ್ಟೀಲಿನ ಕಂಬಿ, ರಾತ್ರಿ ಉರಿಯುವ ದೀಪ, ಇಷ್ಟಕ್ಕೆ ಮೇಸ್ತ್ರಿ ಕೊಟ್ಟ ಅಂದಾಜು ಅರವತ್ತೇಳು ಸಾವಿರ. ಮದುವೆಯ ಅರವತ್ತಕ್ಕೆ ಕಕ್ಕಸಿನ ಉಡುಗೊರೆಯೇ ಎಂದು ಅತ್ತಿಗೆ ನಕ್ಕರು. ಅದು ದೊಡ್ಡ ಆಕ್ಷೇಪವಲ್ಲ. ನಿಜವಾದ ಆಕ್ಷೇಪ ದೊಡ್ಡಪ್ಪನಿಂದ ಬಂತು: 'ಮನೆ ಸರಿ ಮಾಡಿಸುವುದು ಮಕ್ಕಳ ಕೆಲಸ. ನೀವು ಮಾಡಿಸಿದರೆ ಊರಿನವರು ನಮ್ಮನ್ನೇನೆಂದಾರು?' ಮೊಮ್ಮಕ್ಕಳ ಉಡುಗೊರೆ ನಡುವಿನ ತಲೆಮಾರಿನ ಮರ್ಯಾದೆಯ ಮೇಲೆ ಕಾಲಿಡುವ ಈ ಅಪಾಯವನ್ನು ದೂರದಲ್ಲಿರುವವರು ಕಾಣುವುದೇ ಇಲ್ಲ. ಆಮೇಲೆ ಅಕ್ಕನೇ ಮಾತಾಡಿ ಒಪ್ಪಂದ ಮಾಡಿದಳು. ಹಿತ್ತಿಲ ಮೆಟ್ಟಿಲು ತೆಗೆದು ಇಳಿಜಾರು ಮಾಡಿಸುವುದು, ಒಲೆಮನೆಗೆ ಸುಣ್ಣ ಬಣ್ಣ, ಇವು ಮಕ್ಕಳದು. ಬಚ್ಚಲು ಮಾತ್ರ ಮೊಮ್ಮಕ್ಕಳದು.

ಕೆಲಸ ಹಿಡಿದ ಮೂರನೆಯ ದಿನ ಅಂದಾಜು ಮೀರಿತು. ಕಂಬಿಯನ್ನು ಗೋಡೆಗೆ ಬೋಲ್ಟು ಹಾಕಿ ಬಿಗಿಯಬೇಕು, ಎದ್ದು ನಿಲ್ಲುವ ಮನುಷ್ಯನ ಪೂರ್ತಿ ಭಾರ ಅದರ ಮೇಲೆ ಬೀಳುತ್ತದೆ. ನಮ್ಮ ಗೋಡೆ ಹಸಿಯಿಟ್ಟಿಗೆಯದು. ಕೊರೆದರೆ ಬರೀ ಮಣ್ಣು ಉದುರಿತು. ಮೇಲೆ ಟೈಲ್ಸ್ ಅಂಟಿಸಿ ಅದರ ಮೇಲೆಯೇ ಬಿಗಿಯುತ್ತೇನೆ ಎಂದ ಮೇಸ್ತ್ರಿ. ಹಾಗೆ ಬಿಗಿದ ಕಂಬಿ ನೋಡಲು ಭದ್ರವಾಗಿರುತ್ತದೆ, ಮೊದಲ ಸಲ ಜೋರಾಗಿ ಎಳೆದಾಗ ಟೈಲ್ಸಿನ ಸಮೇತ ಕೈಗೆ ಬರುತ್ತದೆ. ಕಂಬಿಯಿಲ್ಲದಿದ್ದರೆ ಅಜ್ಜಿ ಎಚ್ಚರವಾಗಿಯಾದರೂ ಏಳುತ್ತಿದ್ದರು. ಆಸ್ಪತ್ರೆಯಲ್ಲಿ ಸೊಂಟದ ಮೂಳೆ ಮುರಿದ ಮುದುಕಿಯರನ್ನು ದಿನವೂ ನೋಡುವ ಅಕ್ಕ ಒಪ್ಪಲಿಲ್ಲ. ಒಂದು ಪಕ್ಕದ ಗೋಡೆಯನ್ನು ಕೆಡವಿ ಸುಟ್ಟ ಇಟ್ಟಿಗೆ, ಸಿಮೆಂಟಿನಲ್ಲಿ ಕಟ್ಟಿಸಿದ್ದಾಯಿತು. ಬಾಗಿಲು ಹೊರಕ್ಕೆ ತೆರೆಯುವಂತೆ ತಿರುಗಿಸಿದ್ದೂ ಆಗಲೇ. ಒಳಗೆ ಯಾರಾದರೂ ಬಿದ್ದರೆ ಒಳಕ್ಕೆ ತೆರೆಯುವ ಬಾಗಿಲಿಗೆ ಅವರೇ ಅಡ್ಡವಾಗುತ್ತಾರಲ್ಲವೆ? ಒಟ್ಟು ಖರ್ಚು 79,200.

ಕೊರತೆ 11,200 ರೂಪಾಯಿ. ಇಲ್ಲಿ ಆ ಎರಡನೆಯ ಅಂಕಿ ಉಪಯೋಗಕ್ಕೆ ಬಂತು. ಅಕ್ಕ ಪ್ರತಿಯೊಬ್ಬರಿಂದಲೂ ಅವರವರ ಎರಡು ಅಂಕಿಗಳ ಅಂತರದಲ್ಲಿ ಮೂರರಲ್ಲೊಂದು ಪಾಲು ಕೇಳಿದಳು. ನಾನು ಹೇಳಿದ್ದು ಐನೂರು ಮತ್ತು ಎಂಟುನೂರು, ಅಂತರ ಮುನ್ನೂರು, ಕೊಟ್ಟದ್ದು ಇನ್ನೊಂದು ನೂರು. ಬೇರೆಯವರು ಎಷ್ಟು ಕೊಟ್ಟರೋ ನಾನರಿಯೆ, ನಿಯಮ ಮಾತ್ರ ಎಲ್ಲರಿಗೂ ಒಂದೇ. ಮೂವತ್ತನಾಲ್ಕು ಸಾವಿರದಲ್ಲಿ ಮೂರನೆಯ ಒಂದು ಪಾಲು ಹನ್ನೊಂದು ಸಾವಿರದ ಮುನ್ನೂರು ಚಿಲ್ಲರೆ. ಮಿಕ್ಕ ನೂರಮೂವತ್ತು ರೂಪಾಯಿ ವೀಳ್ಯದೆಲೆ ಅಡಿಕೆಗೆ ಹೋಯಿತು.

ಈ ಕ್ರಮದಲ್ಲಿ ದೋಷವಿಲ್ಲವೆಂದಲ್ಲ. ಅನುಕೂಲಸ್ಥನೊಬ್ಬ ಸಣ್ಣ ಅಂಕಿ ಹೇಳಿ ನುಣುಚಿಕೊಂಡರೆ ಅದನ್ನು ಹಿಡಿಯುವ ಉಪಾಯ ಇದರಲ್ಲಿಲ್ಲ. ಹಿಡಿಯಬೇಕಾಗಿಯೂ ಇಲ್ಲ ಎಂಬುದು ನನ್ನ ಮತ. ಹಾಗೆ ಎಲ್ಲರೂ ನುಣುಚಿಕೊಂಡಿದ್ದರೆ ಕಮೋಡಿನ ಬದಲು ಎರಡು ಮರದ ಪೀಠ, ಒಂದು ಊರುಗೋಲು ಕೊಡುತ್ತಿದ್ದೆವು. ಗುಟ್ಟು ಬಲ್ಲವರು ಒಬ್ಬರೇ ಇರುವುದೂ ಒಂದು ದೋಷ. ಆ ಒಬ್ಬರು ಮುಂದೆ ಎಂದಾದರೂ ಸಿಟ್ಟಿನಲ್ಲಿ ಬಾಯಿಬಿಟ್ಟರೆ ಎಲ್ಲವೂ ಕೆಟ್ಟಿತು. ಅದಕ್ಕಾಗಿ ಅಕ್ಕ, ತೆರಿಗೆಗೆ ಬೇಕಾದ ಬ್ಯಾಂಕಿನ ದಾಖಲೆಯನ್ನು ಬಿಟ್ಟು, ಅಂಕಿಗಳನ್ನು ಬರೆದ ಚೀಟಿಯನ್ನು ಸುಟ್ಟಳು.

ಊಟದ ದಿನ ಬಚ್ಚಲ ಬಾಗಿಲಿಗೆ ಮಾವಿನ ತೋರಣ ಕಟ್ಟಿದ್ದೆವು. ಹನ್ನೊಂದು ಹೆಸರುಗಳ ಒಂದು ಹಾಳೆಯನ್ನು ವಯಸ್ಸಿನ ಕ್ರಮದಲ್ಲಿ ಬರೆದು, ಕಿರಿಯಳಾದ ನನ್ನ ತಂಗಿಯ ಕೈಯಲ್ಲಿ ಓದಿಸಿದೆವು. ಐವತ್ತು ವರ್ಷ ಊರಿನ ಮದುವೆಗಳಲ್ಲಿ ಮುಯ್ಯಿ ಪುಸ್ತಕ ಬರೆದ ಅಜ್ಜ ಹಾಳೆಯನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, 'ಹೆಸರಿದೆ, ಎದುರಿಗೆ ಅಂಕಿಯಿಲ್ಲವಲ್ಲಮ್ಮ?' ಎಂದರು. 'ಬಾಗಿಲು ತೆಗೆದು ನೋಡಿ ತಾತ, ಎಲ್ಲಾ ಒಳಗಿದೆ' ಎಂದಳು ಅಕ್ಕ.