ಆರೂ ಫಲಿತಾಂಶ 95ರ ಮೇಲೆ, ಆದರೂ ಏರಿ ಫೇಲ್

2025ರ ಮೇ 19ರಂದು ಕೇರಳದ ಮಲಪ್ಪುರಂ ಜಿಲ್ಲೆಯ ಕೂರಿಯಾಡ್‌ನಲ್ಲಿ, ಇನ್ನೂ ಕಾಮಗಾರಿ ನಡೆಯುತ್ತಿದ್ದ ರಾಷ್ಟ್ರೀಯ ಹೆದ್ದಾರಿ 66ರ ಎತ್ತರದ ಮಣ್ಣಿನ ಏರಿ ಪಕ್ಕದ ಸರ್ವಿಸ್ ರಸ್ತೆಯ ಮೇಲೆ ಕುಸಿಯಿತು. ಅದೇ ಹೆದ್ದಾರಿ ತಲಪಾಡಿಯಲ್ಲಿ ನಮ್ಮ ರಾಜ್ಯವನ್ನು ಹೊಕ್ಕು ಕಾರವಾರದಾಚೆಯ ಮಾಜಾಳಿವರೆಗೆ ಕರಾವಳಿಯುದ್ದಕ್ಕೂ ಸಾಗುತ್ತದೆ. ಹೀಗಾಗಿ ಇಲ್ಲಿನ ಏರಿಗಳ ಬಗ್ಗೆ, ಸೇತುವೆಗೆ ಹತ್ತುವ ಕಡೆ ಇಳಿದ ಡಾಂಬರಿನ ಬಗ್ಗೆ ಮಳೆಗಾಲ ಬಂದಾಗಲೆಲ್ಲ ಜಗಳ ಏಳುತ್ತದೆ. ಜಗಳದ ಧಾಟಿ ಮಾತ್ರ ಬದಲಾಗುವುದಿಲ್ಲ. ಗುತ್ತಿಗೆದಾರರ ಕಡೆಯವರು ಸಾಂದ್ರತೆ ಪರೀಕ್ಷೆಯ ವರದಿ ಹಿಡಿದು ‘ಎಲ್ಲವೂ 95ಕ್ಕಿಂತ ಮೇಲಿದೆ, ಪಾಸು’ ಎನ್ನುತ್ತಾರೆ. ಎದುರಿನವರು ಅದೇ ವರದಿಯಲ್ಲಿ ಒಂದು 94.6 ಹುಡುಕಿ ತೆಗೆದು ‘ಸಿಕ್ಕಿಬಿದ್ದರು, ಕಳಪೆ’ ಎನ್ನುತ್ತಾರೆ. ನನ್ನ ಪ್ರಕಾರ ಇಬ್ಬರೂ ವರದಿಯನ್ನು ಓದಿಲ್ಲ. ಓದಲು ಬಾರದಂತೆ ಅದನ್ನು ತಯಾರಿಸಿ ಇಟ್ಟವರ ತಪ್ಪು ಇನ್ನೂ ದೊಡ್ಡದು.

ಸೈಟಿನಲ್ಲಿ ಎಫ್‌ಡಿಟಿ ಎಂದು ಕರೆಯುವ ಈ ಪರೀಕ್ಷೆ ಮೂಲದಲ್ಲಿ ಸರಳ. ರೋಲರ್ ಓಡಿಸಿ ದಮ್ಮಸ್ಸು ಮಾಡಿದ ಪದರದಲ್ಲಿ ಸುಮಾರು ಒಂದು ಗೇಣು ಆಳದ ದುಂಡನೆಯ ಗುಂಡಿ ತೋಡಿ, ತೆಗೆದ ಮಣ್ಣನ್ನು ಚೂರೂ ಬಿಡದೆ ತೂಗುತ್ತಾರೆ. ಗುಂಡಿಯ ಗಾತ್ರ ಎಷ್ಟೆಂದು ತಿಳಿಯಲು ಒಂದೇ ಸಮನಾದ ಒಣ ಮರಳನ್ನು ಸಿಲಿಂಡರಿನಿಂದ ಅದರೊಳಕ್ಕೆ ಸುರಿಯುತ್ತಾರೆ. ಗುಂಡಿಗೆ 1,710 ಗ್ರಾಂ ಮರಳು ಹಿಡಿಯಿತು, ಆ ಮರಳಿನ ಸಾಂದ್ರತೆ ಘನ ಸೆಂ.ಮೀ.ಗೆ 1.45 ಗ್ರಾಂ ಎಂದಿಟ್ಟುಕೊಳ್ಳಿ. ಗುಂಡಿಯ ಗಾತ್ರ 1,179 ಘನ ಸೆಂ.ಮೀ. ಆಯಿತು. ತೆಗೆದ ಮಣ್ಣು 2,420 ಗ್ರಾಂ ತೂಗಿದರೆ ಹಸಿ ಸಾಂದ್ರತೆ 2.05. ಅದರಲ್ಲಿ ನೀರು ಶೇ 10.5 ಇದ್ದರೆ ಒಣ ಸಾಂದ್ರತೆ 1.86ರ ಹತ್ತಿರ ನಿಲ್ಲುತ್ತದೆ. ಅದೇ ಮಣ್ಣನ್ನು ಪ್ರಯೋಗಾಲಯದಲ್ಲಿ ಭಾರದ ಸುತ್ತಿಗೆಯಿಂದ ಬಡಿದಾಗ ಸಿಕ್ಕ ಗರಿಷ್ಠ ಒಣ ಸಾಂದ್ರತೆ 1.94 ಆಗಿದ್ದರೆ, ಏರಿಯ ಪದರ ಅದರ ಶೇ 95.7ರಷ್ಟು ಗಟ್ಟಿಯಾಗಿದೆ ಎಂದರ್ಥ. ಕೇಂದ್ರ ಹೆದ್ದಾರಿ ಸಚಿವಾಲಯದ 2013ರ ನಿರ್ದಿಷ್ಟತೆಗಳು ಸಾಮಾನ್ಯ ಮಣ್ಣಿನ ಏರಿಗೆ ಶೇ 95, ಡಾಂಬರಿನ ಪದರಗಳ ಕೆಳಗಿನ ಸಬ್‌ಗ್ರೇಡ್‌ಗೆ ಶೇ 97 ಕೇಳುತ್ತವೆ.

ಎಲ್ಲರ ಬಾಯಲ್ಲೂ ಇರುವುದು ಈ 95. ಅದೇ ನಿರ್ದಿಷ್ಟತೆಗಳ ಗುಣಮಟ್ಟ ನಿಯಂತ್ರಣದ 900ನೇ ವಿಭಾಗ ಹೇಳುವ ಮಾತು ಯಾರ ಬಾಯಲ್ಲೂ ಇಲ್ಲ. ಯಾವುದೋ ಒಂದು ಪರೀಕ್ಷೆಯ ಫಲಿತಾಂಶ ನೋಡಿ ತೀರ್ಮಾನಿಸಬಾರದು, ಐದರಿಂದ ಹತ್ತು ಪರೀಕ್ಷೆಗಳ ಗುಂಪಿನ ಸರಾಸರಿ ನೋಡಬೇಕು ಎನ್ನುತ್ತದೆ ಅದು. ಆ ಸರಾಸರಿ ಬರೀ 95 ಮುಟ್ಟಿದರೂ ಸಾಲದು. ಫಲಿತಾಂಶಗಳು ಒಂದಕ್ಕೊಂದು ಎಷ್ಟು ಹರಡಿಕೊಂಡಿವೆ ಎಂಬುದರ ಅಳತೆಯಾದ ಮಾನಕ ವಿಚಲನೆಯನ್ನು 1.65 − 1.65/√n ಎಂಬ ಸಂಖ್ಯೆಯಿಂದ ಗುಣಿಸಿ, ಬಂದದ್ದನ್ನು 95ಕ್ಕೆ ಕೂಡಿಸಬೇಕು. ಸರಾಸರಿ ಆ ಮೊತ್ತವನ್ನು ದಾಟಬೇಕು. ಇಲ್ಲಿ n ಎಂದರೆ ಪರೀಕ್ಷೆಗಳ ಸಂಖ್ಯೆ. ಆರು ಪರೀಕ್ಷೆಗಳಿದ್ದರೆ ಗುಣಿಸುವ ಸಂಖ್ಯೆ 0.976.

ಲೆಕ್ಕ ಹಾಕಿಯೇ ನೋಡೋಣ. ಅಂಕಿಗಳು ನಾನು ಉದಾಹರಣೆಗೆ ಇಟ್ಟುಕೊಂಡವು. ಎರಡು ವರದಿ, ಎರಡರಲ್ಲೂ ಒಂದೇ ಮಣ್ಣು. ಮೊದಲನೆಯದರಲ್ಲಿ ಆರು ಫಲಿತಾಂಶ: 95.0, 99.4, 95.2, 98.8, 95.1, 95.3. ಒಂದೂ 95ಕ್ಕಿಂತ ಕೆಳಗಿಲ್ಲ. ಸರಾಸರಿ 96.5. ‘ಪಾಸು’ ಎಂದು ಸಹಿ ಹಾಕಲು ಯಾರಾದರೂ ಹಿಂದೆಮುಂದೆ ನೋಡಲಾರರು. ಆದರೆ ಇದರ ಮಾನಕ ವಿಚಲನೆ 2.05. ಅದನ್ನು 0.976ರಿಂದ ಗುಣಿಸಿದರೆ ಸರಿಸುಮಾರು 2. ಅಂದರೆ ಸರಾಸರಿ 97 ಇರಬೇಕಿತ್ತು. ಇದು ಫೇಲ್.

ಎರಡನೆಯದರಲ್ಲಿ 94.6, 96.2, 95.9, 96.8, 96.4, 96.1. ಇಲ್ಲಿ ಒಂದು 95ರ ಕೆಳಗಿದೆ, ಪತ್ರಿಕಾಗೋಷ್ಠಿಯಲ್ಲಿ ಎತ್ತಿ ತೋರಿಸಲು ಹೇಳಿ ಮಾಡಿಸಿದ ಹಾಗಿದೆ. ಸರಾಸರಿ 96.0. ವಿಚಲನೆ 0.75, ಗುಣಿಸಿದರೆ 0.73. ಬೇಕಾದದ್ದು 95.73, ಇರುವುದು 96. ಇದು ಪಾಸ್.

ಹೀಗೇಕೆ ಎಂದರೆ, ಏರಿಯಲ್ಲಿ ನಾವು ಗುಂಡಿ ತೋಡುವುದು ಸಾವಿರ ಚದರ ಮೀಟರಿಗೆ ಒಂದು. ಉಳಿದ ಜಾಗ ಹೇಗಿದೆ ಎಂದು ಆ ಗುಂಡಿಗಳಿಂದಲೇ ಊಹಿಸಬೇಕು. ಫಲಿತಾಂಶಗಳು ಒತ್ತಾಗಿದ್ದರೆ ಪರೀಕ್ಷೆ ಮಾಡದ ಜಾಗವೂ ಹೆಚ್ಚುಕಡಿಮೆ ಹಾಗೇ ಇರುತ್ತದೆಂದು ನಂಬಬಹುದು. ಒಂದು ಕಡೆ 99, ಇನ್ನೊಂದು ಕಡೆ 95 ಎಂದು ಜಿಗಿದಾಡುತ್ತಿದ್ದರೆ, ನೋಡದೆ ಬಿಟ್ಟ ಜಾಗದಲ್ಲಿ 92 ಇರುವ ಸಾಧ್ಯತೆಯೂ ಇದೆ. ರೋಲರ್ ಎಲ್ಲ ಕಡೆ ಒಂದೇ ಸಮನೆ ಓಡಿಲ್ಲ, ಅಥವಾ ಟ್ಯಾಂಕರಿನ ನೀರು ಎಲ್ಲ ಕಡೆ ಬಿದ್ದಿಲ್ಲ, ಅಥವಾ ಮಣ್ಣೇ ಬೇರೆ ಬೇರೆ. ಮೇಲಿನ ಮೊದಲ ವರದಿಯಲ್ಲಿ ನನಗೆ ಇನ್ನೊಂದು ಅನುಮಾನವೂ ಇದೆ. 95.0, 95.1, 95.2, 95.3 ಎಂದು ಗೆರೆಗೆ ತಾಗಿಕೊಂಡೇ ಕೂತ ಅಂಕಿಗಳು ನಿಜವಾದ ಗುಂಡಿಯಿಂದ ಅಷ್ಟು ಸುಲಭವಾಗಿ ಎದ್ದು ಬರುವುದಿಲ್ಲ. ಅಂಥವು ತಿಂಗಳುಗಟ್ಟಲೆ ಸಾಲಾಗಿ ಬಂದರೆ ಅವು ಹುಟ್ಟಿದ್ದು ಏರಿಯ ಮೇಲೋ ಆಫೀಸಿನ ಮೇಜಿನ ಮೇಲೋ ಎಂದು ಕೇಳುವುದು ನ್ಯಾಯ.

ಶೇಕಡಾ ಅನ್ನುವುದು ಭಿನ್ನರಾಶಿ ಎಂಬುದನ್ನು ಮರೆತರೆ ಇನ್ನೂ ದೊಡ್ಡ ಮೋಸ ಕಣ್ಣಿಗೆ ಬೀಳುವುದಿಲ್ಲ. ಗುಂಡಿಯಲ್ಲಿ ಸಿಕ್ಕ ಸಾಂದ್ರತೆ ಮೇಲಿನ ಅಂಕಿ, ಪ್ರಯೋಗಾಲಯದ ಗರಿಷ್ಠ ಸಾಂದ್ರತೆ ಕೆಳಗಿನದು. ಮೇಲಿನದನ್ನು ತಿದ್ದಲು ಪ್ರತಿ ಸಲ ಸುಳ್ಳು ಬರೆಯಬೇಕು. ಕೆಳಗಿನದನ್ನು ಒಮ್ಮೆ ಇಳಿಸಿಟ್ಟರೆ ಆಮೇಲಿನ ಪ್ರತಿಯೊಂದು ಪರೀಕ್ಷೆಯೂ ತಾನಾಗಿ ಪಾಸಾಗುತ್ತದೆ. ಹೆದ್ದಾರಿಯ ನಿರ್ದಿಷ್ಟತೆ ಕೇಳುವುದು ಭಾರದ ಸುತ್ತಿಗೆಯ ಪರೀಕ್ಷೆ, ಅಂದರೆ ಐಎಸ್ 2720ರ 8ನೇ ಭಾಗ. 7ನೇ ಭಾಗದ ಹಗುರ ಸುತ್ತಿಗೆ ಬಳಸಿದರೆ ಅದೇ ಮಣ್ಣಿನ ಗರಿಷ್ಠ ಸಾಂದ್ರತೆ 1.94ರ ಬದಲು 1.80 ಬರಬಹುದು. ಆಗ ಏರಿಯಲ್ಲಿ 1.75 ಸಿಕ್ಕಿದರೂ ಶೇ 97 ಎಂದು ಬರೆಯಬಹುದು. ನಿಜವಾದ ಲೆಕ್ಕದಲ್ಲಿ ಅದು 90.

ಇದು ಬೇಕೆಂದೇ ಮಾಡುವ ವಂಚನೆಯೇ ಆಗಬೇಕಿಲ್ಲ. ಒಂದು ಗುಡ್ಡ ಅಗೆದು ಮುಗಿದು ಪಕ್ಕದ ಗುಡ್ಡಕ್ಕೆ ಜೆಸಿಬಿ ತಿರುಗಿದಾಗ ಮಣ್ಣು ಬದಲಾಗುತ್ತದೆ, ರಿಜಿಸ್ಟರಿನಲ್ಲಿ ಹಳೆಯ 1.94 ಹಾಗೇ ಉಳಿಯುತ್ತದೆ. ಹೊಸ ಮಣ್ಣಿನ ಗರಿಷ್ಠ 2.06 ಆಗಿದ್ದರೆ, ಪಾಸಾದ 1.86 ನಿಜಕ್ಕೂ ಶೇ 90ರ ಲೆಕ್ಕದ್ದು. ಕರಾವಳಿಯಲ್ಲಿ ಮುರಕಲ್ಲಿನ ಮಣ್ಣು ತುಂಬುವಾಗ ಇದು ಇನ್ನೂ ಜಟಿಲ. ಗುಂಡಿಯಲ್ಲಿ ಮುಷ್ಟಿಗಾತ್ರದ ಕಲ್ಲು ಸಿಕ್ಕಿದರೆ ತೂಕ ಏರುತ್ತದೆ. ಪ್ರಯೋಗಾಲಯದಲ್ಲಿ ಬಡಿದದ್ದು ಆ ಕಲ್ಲುಗಳನ್ನು ಜರಡಿ ಹಿಡಿದು ತೆಗೆದ ಮಣ್ಣನ್ನು. ಕಲ್ಲಿನ ಪಾಲು ಕಳೆಯದೆ ಹೋಲಿಸಿದರೆ ಶೇ 100 ದಾಟಿದ ಫಲಿತಾಂಶವೂ ಬರುತ್ತದೆ, ಅದನ್ನು ನೋಡಿ ‘ಭಾರೀ ಗಟ್ಟಿ’ ಎಂದು ಸಂತೋಷಪಡುವವರೂ ಇದ್ದಾರೆ.

ನೀರಿನ ಲೆಕ್ಕದಲ್ಲೂ ಒಂದು ಸಣ್ಣ ಕಳ್ಳಕಿಂಡಿ ಇದೆ. ಮಣ್ಣನ್ನು ಓವನ್ನಿನಲ್ಲಿಟ್ಟು ಒಣಗಿಸಲು ಒಂದು ದಿನ ಬೇಕು, ಅಷ್ಟರಲ್ಲಿ ಮೇಲಿನ ಪದರ ಬಿದ್ದಾಗಿರುತ್ತದೆ. ಹಾಗಾಗಿ ಸೈಟಿನಲ್ಲಿ ಕ್ಯಾಲ್ಸಿಯಂ ಕಾರ್ಬೈಡ್ ಹಾಕಿ ಕುಲುಕುವ ಮೀಟರ್ ಬಳಸುತ್ತಾರೆ. ಅದರ ಮುಳ್ಳು ತೋರಿಸುವುದು ಹಸಿ ಮಣ್ಣಿನ ತೂಕದ ಮೇಲಿನ ಶೇಕಡಾವಾರು. ಸೂತ್ರಕ್ಕೆ ಬೇಕಾದದ್ದು ಒಣ ಮಣ್ಣಿನ ಮೇಲಿನದು. ಮೀಟರ್ 10 ತೋರಿಸಿದರೆ ಸೂತ್ರದಲ್ಲಿ 11.1 ಹಾಕಬೇಕು. ಹಾಗೆಯೇ 10 ಎಂದು ಹಾಕಿದರೆ ಮೇಲಿನ ಗುಂಡಿಯಲ್ಲೇ 95.2 ಇದ್ದದ್ದು 96.2 ಆಗಿ ಏಳುತ್ತದೆ. ಗೆರೆಯ ಅಂಚಿನಲ್ಲಿರುವ ಏರಿಯನ್ನು ದಾಟಿಸಲು ಅಷ್ಟೇ ಸಾಕು. ಯಾವ ಮೀಟರಿನಿಂದ ಅಳೆದರು ಎಂಬ ಕಾಲಂ ಇಲ್ಲದ ವರದಿ ಹಾಗಾಗಿ ಅರ್ಧ ವರದಿ.

ಇಷ್ಟೆಲ್ಲ ಸರಿಯಿದ್ದೂ ಏರಿ ಬೀಳಬಹುದು, ಇದನ್ನು ಟೀಕಾಕಾರರು ತಿಳಿಯಬೇಕು. ಕೂರಿಯಾಡ್ ಕುಸಿತದ ಬಗ್ಗೆ ಹೆದ್ದಾರಿ ಪ್ರಾಧಿಕಾರ ಕೊಟ್ಟ ಮೊದಲ ವಿವರಣೆ ಏರಿಯ ದಮ್ಮಸ್ಸಿನ ಬಗ್ಗೆ ಇರಲಿಲ್ಲ. ಎತ್ತರದ ಏರಿಯ ಭಾರಕ್ಕೆ ಕೆಳಗಿನ ನೀರು ಕುಡಿದ ನೆಲವೇ ಪಕ್ಕಕ್ಕೆ ಸರಿಯಿತು ಎಂಬುದಾಗಿತ್ತು. ಎಫ್‌ಡಿಟಿ ತಾನು ತೋಡಿದ ಒಂದು ಗೇಣಿನ ಬಗ್ಗೆ ಮಾತ್ರ ಮಾತಾಡುತ್ತದೆ. ಗದ್ದೆಯ ಕೆಸರಿನ ಮೇಲೆ ಏರಿ ಎಬ್ಬಿಸುವ ಮುನ್ನ ಬೋರ್ ಹೊಡೆದು ನೆಲದ ಬಲ ನೋಡಿದರೇ, ಅದಕ್ಕೆ ತಕ್ಕ ವಿನ್ಯಾಸ ಮಾಡಿದರೇ ಎಂಬುದಕ್ಕೆ ಅದರಲ್ಲಿ ಉತ್ತರ ಇರುವುದಿಲ್ಲ. ವಿನ್ಯಾಸದ ಪ್ರಶ್ನೆ ಕೇಳಿದಾಗ ಸಾಂದ್ರತೆಯ ವರದಿ ತಂದು ಮೇಜಿನ ಮೇಲಿಡುವುದು ಜನರ ದಿಕ್ಕು ತಪ್ಪಿಸುವ ಕೆಲಸ. ಹಾಗೆಯೇ ಕುಸಿದ ಪ್ರತಿಯೊಂದು ಏರಿಗೂ ‘ರೋಲರ್ ಓಡಿಸಿಲ್ಲ’ ಎಂದು ಕೂಗುವುದೂ ವಿನ್ಯಾಸಕಾರರನ್ನು ಪಾರು ಮಾಡುವ ದಾರಿಯೇ.

ಲೆಕ್ಕಕ್ಕೆ ಸಿಗುವ ಇನ್ನೊಂದು ಸಂಗತಿ ಇದೆ. 30 ಮೀಟರ್ ಅಗಲ, 5 ಮೀಟರ್ ಎತ್ತರದ ಏರಿಯ ಒಂದು ಕಿಲೋಮೀಟರಿಗೆ, ಪದರ 200 ಮಿ.ಮೀ. ಎಂದರೂ 25 ಪದರ. ಪ್ರತಿ ಪದರಕ್ಕೆ ಕನಿಷ್ಠ 30 ಗುಂಡಿ, ಒಟ್ಟು 750. ಇಳಿಜಾರಿನಿಂದಾಗಿ ಬುಡ ಅಗಲವಾಗಿರುವುದರಿಂದ ನಿಜದಲ್ಲಿ ಇನ್ನೂ ಹೆಚ್ಚೇ. ಗುಂಡಿಯ ಜಾಗವನ್ನು ಚೀಟಿ ಎತ್ತಿದ ಹಾಗೆ ಯಾದೃಚ್ಛಿಕವಾಗಿ ಆರಿಸಬೇಕು. ರೋಲರ್ ಸುಲಭವಾಗಿ ಓಡುವ ನಡುಭಾಗದಲ್ಲೇ ಎಲ್ಲ ಗುಂಡಿ ತೋಡಿ, ಅಂಚನ್ನೂ ಸೇತುವೆಯ ಗೋಡೆಯ ಮಗ್ಗುಲನ್ನೂ ಬಿಟ್ಟರೆ ಸರಾಸರಿ ಎಷ್ಟೇ ಇದ್ದರೂ ಅದು ನಡುಭಾಗದ ಸರಾಸರಿ. ಒಬ್ಬ ಲ್ಯಾಬ್ ಹುಡುಗ, ಒಂದು ಸಿಲಿಂಡರ್ ಇರುವ ಸೈಟಿನಲ್ಲಿ ದಿನಕ್ಕೆ ನಲವತ್ತು ಐವತ್ತು ಪರೀಕ್ಷೆ ದಾಖಲಾಗಿದ್ದರೆ ಅದನ್ನು ವಿವರಿಸುವ ಹೊಣೆ ಸಹಿ ಮಾಡಿದ ಎಂಜಿನಿಯರನದು.

ಆದ್ದರಿಂದ ಇಲಾಖೆಗಳಿಗೆ ನನ್ನ ಆಗ್ರಹ ಒಂದೇ. ‘ಸರಾಸರಿ ಶೇ 96.5, ಪಾಸು’ ಎಂಬ ಒಂದು ಸಾಲಿನ ಸಾರಾಂಶ ಕೊಡುವುದನ್ನು ನಿಲ್ಲಿಸಿ, ಕಚ್ಚಾ ಹಾಳೆಗಳನ್ನು ಕಾಮಗಾರಿ ನಡೆಯುತ್ತಿರುವಾಗಲೇ ಪ್ರಕಟಿಸಿ. ರಸ್ತೆ ಬದಿಯ ನಾಗರಿಕರು ಅದಕ್ಕೆ ಕಾಯಬೇಕಾಗಿಯೂ ಇಲ್ಲ. 2005ರ ಮಾಹಿತಿ ಹಕ್ಕು ಕಾಯ್ದೆಯ 2(ಜೆ) ಕಲಂ ದಾಖಲೆಯ ಪ್ರತಿ ಪಡೆಯುವ ಹಕ್ಕನ್ನಷ್ಟೇ ಕೊಟ್ಟಿಲ್ಲ. ಕಾಮಗಾರಿಯನ್ನು ಪರಿಶೀಲಿಸುವ, ಸಾಮಗ್ರಿಯ ದೃಢೀಕೃತ ಮಾದರಿ ಪಡೆಯುವ ಹಕ್ಕೂ ಅದರಲ್ಲಿದೆ. ಅರ್ಜಿ ಹಾಕುವಾಗ ‘ಗುಣಮಟ್ಟದ ವರದಿ ಕೊಡಿ’ ಎನ್ನಬೇಡಿ, ಸಾರಾಂಶವೇ ಬರುತ್ತದೆ. ಪ್ರತಿ ಗುಂಡಿಯ ಚೈನೇಜ್, ಪದರದ ಸಂಖ್ಯೆ, ದಿನಾಂಕ, ಮರಳಿನ ತೂಕ, ತೇವಾಂಶ ಅಳೆದ ವಿಧಾನ, ಗರಿಷ್ಠ ಸಾಂದ್ರತೆ ಯಾವ ಗುಡ್ಡದ ಮಣ್ಣಿನದು ಮತ್ತು 7ನೇ ಭಾಗದ್ದೋ 8ನೇ ಭಾಗದ್ದೋ, ಗುಂಪಿನ ಸರಾಸರಿ ಮತ್ತು ಮಾನಕ ವಿಚಲನೆ, ಇವಿಷ್ಟನ್ನೂ ಹೆಸರಿಟ್ಟು ಕೇಳಿ. ಜೊತೆಗೆ ಏರಿಯ ಕೆಳಗಿನ ನೆಲದ ಬೋರ್ ವರದಿಯನ್ನೂ ಕೇಳಿ.