ಡಾಲರಿಗೆ ಡಾಲರೇ ಬೇಲಿ

ಮಂಗಳೂರಿನ ಗೋಡಂಬಿ ಕಾರ್ಖಾನೆಗಳಿಗೆ ಬರುವ ಗೇರುಬೀಜವೆಲ್ಲ ಕರಾವಳಿಯ ಗುಡ್ಡಗಳಲ್ಲೇ ಬೆಳೆದದ್ದೆಂದು ಅನೇಕರು ತಿಳಿದಿರುತ್ತಾರೆ. ನಿಜ ಹೇಳಬೇಕೆಂದರೆ, ಇಲ್ಲಿನ ಬೆಳೆ ಕಾರ್ಖಾನೆಗಳಿಗೆ ವರ್ಷವಿಡೀ ಕೆಲಸ ಕೊಡಲು ಸಾಲದು. ಆದ್ದರಿಂದ ಐವರಿ ಕೋಸ್ಟ್, ಘಾನಾ, ತಾಂಜಾನಿಯಾ ಮುಂತಾದ ಆಫ್ರಿಕದ ದೇಶಗಳಿಂದ ಕಚ್ಚಾ ಬೀಜ ಹಡಗಿನಲ್ಲಿ ಬರುತ್ತದೆ. ಅದನ್ನು ಒಣಗಿಸಿ, ಹಬೆಯಲ್ಲಿ ಬೇಯಿಸಿ, ಒಡೆದು, ಸಿಪ್ಪೆ ಸುಲಿದು, ವಿಂಗಡಿಸಿದ ತಿರುಳಿನ ಒಂದು ಭಾಗ ಮತ್ತೆ ಹಡಗು ಹತ್ತಿ ವಿದೇಶಕ್ಕೆ ಹೋಗುತ್ತದೆ. ಬೀಜ ಕೊಳ್ಳುವಾಗ ಡಾಲರು ಕೊಡಬೇಕು. ತಿರುಳು ಮಾರಿದಾಗ ಡಾಲರು ಬರುತ್ತದೆ. ನಡುವೆ ದುಡಿಯುವ ಹೆಂಗಸರ ಕೂಲಿ ಮಾತ್ರ ರೂಪಾಯಿಯಲ್ಲಿ.

ಡಾಲರಿನ ಬೆಲೆ ದಿನದಿನಕ್ಕೂ ಬದಲಾಗುತ್ತದೆ. ಅದು ಏರುತ್ತಲೇ ಹೋಗುತ್ತದೆ ಎಂಬ ನಂಬಿಕೆಯೂ ಸರಿಯಲ್ಲ. 2007ರ ಆರಂಭದಲ್ಲಿ ಡಾಲರಿಗೆ ಸುಮಾರು 44 ರೂಪಾಯಿ ಇತ್ತು; ಆ ವರ್ಷದ ಕೊನೆಗೆ ಅದು 39ರ ಆಸುಪಾಸಿಗೆ ಇಳಿದಿತ್ತು. ಅದೇ ಡಾಲರಿಗೆ ಅಷ್ಟು ಕಡಿಮೆ ರೂಪಾಯಿ ಸಿಕ್ಕಿದ್ದರಿಂದ ರಫ್ತುದಾರರು ಕಂಗಾಲಾದರು. ಹಾಗಾದರೆ ಡಾಲರನ್ನು ಕೊಡುವವನೂ ಪಡೆಯುವವನೂ ತಾನೇ ಆಗಿರುವ ಕಾರ್ಖಾನೆಯವನು ಯಾವುದಕ್ಕೆ ಹೆದರಬೇಕು? ಏರಿಕೆಗೋ, ಇಳಿಕೆಗೋ?

ಹೈಸ್ಕೂಲಿನ ಭೌತಶಾಸ್ತ್ರದಲ್ಲಿ ಕಲಿತ ಒಂದು ಪಾಠ ಇಲ್ಲಿ ನೆರವಿಗೆ ಬರುತ್ತದೆ. ಒಂದು ವಸ್ತುವನ್ನು ಬಲಕ್ಕೆ 150 ನ್ಯೂಟನ್, ಎಡಕ್ಕೆ 120 ನ್ಯೂಟನ್ ಬಲದಿಂದ ಎಳೆದರೆ ವಸ್ತುವಿಗೆ ತಾಗುವುದು 30 ನ್ಯೂಟನ್ ಮಾತ್ರ. ಉಳಿದದ್ದು ಒಂದನ್ನೊಂದು ಹೊಡೆದುಹಾಕುತ್ತದೆ. ಆದರೆ ಒಂದು ಷರತ್ತಿದೆ: ಎರಡೂ ಬಲಗಳು ಒಂದೇ ಹೊತ್ತಿನಲ್ಲಿ ಎಳೆಯಬೇಕು. ಬೆಳಿಗ್ಗೆ ಒಬ್ಬ, ಸಂಜೆ ಇನ್ನೊಬ್ಬ ಎಳೆದರೆ ವಸ್ತು ಎರಡು ಸಲ ಜರುಗುತ್ತದೆ. ಡಾಲರಿನ ಲೆಕ್ಕವೂ ಹೀಗೆಯೇ.

ಒಂದು ಕಾರ್ಖಾನೆಯ ಲೆಕ್ಕವನ್ನೇ ತೆಗೆದುಕೊಳ್ಳಿ. ಅಂಕಿಗಳು ಉದಾಹರಣೆಗಾಗಿ ಇಟ್ಟುಕೊಂಡವು. ಮಾರ್ಚ್ ತಿಂಗಳಲ್ಲಿ 100 ಟನ್ ಬೀಜ, ಟನ್ನಿಗೆ 1,200 ಡಾಲರಿನಂತೆ, ಒಟ್ಟು 1,20,000 ಡಾಲರಿಗೆ ಬಂತು. ನಾಲ್ಕು ಕಿಲೋ ಬೀಜಕ್ಕೆ ಸುಮಾರು ಒಂದು ಕಿಲೋ ತಿರುಳು ಸಿಗುತ್ತದೆ. ಹೀಗೆ 25 ಟನ್ ತಿರುಳು, ಟನ್ನಿಗೆ 6,000 ಡಾಲರಿನಂತೆ ಮಾರಾಟವಾಗಿ, ಜುಲೈಯಲ್ಲಿ 1,50,000 ಡಾಲರು ಬರಬೇಕು. ಕೂಲಿ, ಸೌದೆ, ವಿದ್ಯುತ್ತು, ಡಬ್ಬ, ಸಾಗಣೆ ಎಲ್ಲ ಸೇರಿ ರೂಪಾಯಿ ಖರ್ಚು 22 ಲಕ್ಷ. ಮಾರ್ಚಿನಲ್ಲಿ ಡಾಲರಿಗೆ 85 ರೂಪಾಯಿ ಎಂದಿರಲಿ. ಬೆಲೆ ಹಾಗೆಯೇ ನಿಂತರೆ ಉಳಿಯುವ 30,000 ಡಾಲರಿಗೆ 25,50,000 ರೂಪಾಯಿ. ಖರ್ಚು ಕಳೆದು ಲಾಭ ಮೂರೂವರೆ ಲಕ್ಷ.

ಮಾಲೀಕ ರೂಪಾಯಿ ಸಾಲ ತಂದು, ಮಾರ್ಚಿನಲ್ಲಿ ಬ್ಯಾಂಕಿನಿಂದ ಡಾಲರು ಕೊಂಡು ಬೀಜದ ಹಣ ತೀರಿಸಿದನೆನ್ನಿ. ಆಗ 1,02,00,000 ರೂಪಾಯಿ ಹೋಯಿತು. ಜುಲೈಯಲ್ಲಿ ಡಾಲರು 82 ರೂಪಾಯಿಗೆ ಇಳಿಯಿತು. ಬಂದ 1,50,000 ಡಾಲರಿಗೆ 1,23,00,000 ರೂಪಾಯಿ ಸಿಕ್ಕಿತು. ವ್ಯತ್ಯಾಸ 21 ಲಕ್ಷ. ಖರ್ಚು 22 ಲಕ್ಷ. ಬೀಜ ಚೆನ್ನಾಗಿತ್ತು, ಕೆಲಸವೂ ಚೆನ್ನಾಗಿ ನಡೆಯಿತು, ಗಿರಾಕಿ ಹೇಳಿದ ಬೆಲೆಯನ್ನೇ ಕೊಟ್ಟ. ಆದರೂ ಒಂದು ಲಕ್ಷ ನಷ್ಟ! ಮುಂದಿನ ಹಂಗಾಮಿನಲ್ಲಿ ಎಷ್ಟು ಜನಕ್ಕೆ ಕೆಲಸ ಕೊಡಬಹುದು ಎಂಬ ಪ್ರಶ್ನೆ ಏಳುವುದು ಇಂಥ ಲೆಕ್ಕದಿಂದಲೇ.

ಇದೇ ಕಾರ್ಖಾನೆ ಇನ್ನೊಂದು ದಾರಿ ಹಿಡಿಯಬಹುದಿತ್ತು. ರಫ್ತಿನ ಆದೇಶ ಕೈಯಲ್ಲಿರುವವರಿಗೆ ಬ್ಯಾಂಕುಗಳು ವಿದೇಶಿ ಹಣದಲ್ಲೇ ಪ್ಯಾಕಿಂಗ್ ಕ್ರೆಡಿಟ್ ಎಂಬ ಸಾಲ ಕೊಡುತ್ತವೆ. ಈ ಸಾಲದ ಡಾಲರನ್ನು ನೇರವಾಗಿ ಆಫ್ರಿಕದ ವ್ಯಾಪಾರಿಗೆ ಕಳಿಸಬಹುದು. ಜುಲೈಯಲ್ಲಿ ರಫ್ತಿನ ಡಾಲರು ಬಂದಾಗ ಸಾಲ ಅದರಿಂದಲೇ ತೀರುತ್ತದೆ. ಈ 1,20,000 ಡಾಲರು ರೂಪಾಯಿಯ ಮುಖವನ್ನೇ ನೋಡಲಿಲ್ಲ. ರೂಪಾಯಿಯಾಗುವುದು ಉಳಿದ 30,000 ಮಾತ್ರ. ಅದಕ್ಕೆ 82ರಂತೆ 24,60,000 ರೂಪಾಯಿ. ಖರ್ಚು ಕಳೆದು ಲಾಭ 2,60,000. ಎರಡು ದಾರಿಯಲ್ಲೂ ಸಾಲಕ್ಕೆ ಬಡ್ಡಿ ಇದ್ದೇ ಇದೆ. ಅದನ್ನು ಇಲ್ಲಿ ಲೆಕ್ಕಕ್ಕೆ ಹಿಡಿದಿಲ್ಲ. ಸಾಲವು ಮಾಡಿದ ಉಪಕಾರವೆಂದರೆ ಮಾರ್ಚಿನ ಎಳೆತವನ್ನು ಜುಲೈಗೆ ತಂದದ್ದು. ಎರಡು ಬಲಗಳು ಒಂದೇ ದಿನ ಎದುರುಬದುರಾದವು.

ಹೆಜ್ ಎಂಬ ಇಂಗ್ಲಿಷ್ ಪದಕ್ಕೆ ಬೇಲಿ ಎಂದೇ ಅರ್ಥ. ವಾಣಿಜ್ಯಶಾಸ್ತ್ರದವರು ಇದನ್ನು ನ್ಯಾಚುರಲ್ ಹೆಜ್ ಎಂದು ಕರೆಯುತ್ತಾರೆ. ಹಣ ಕೊಟ್ಟು ಹಾಕಿಸುವ ತಂತಿ ಬೇಲಿಯೂ ಉಂಟು. ಮುಂದಿನ ತಿಂಗಳ ಡಾಲರಿನ ದರವನ್ನು ಇಂದೇ ಬ್ಯಾಂಕಿನೊಡನೆ ಗೊತ್ತುಮಾಡಿಕೊಳ್ಳುವ ಫಾರ್ವರ್ಡ್ ಕರಾರು ಅಂಥದು. ಇದಾದರೋ ತೋಟದ ಅಂಚಿನಲ್ಲಿ ತಾನೇ ಬೆಳೆದ ಗಿಡದ ಬೇಲಿ. ಜಾಣನಾದವನು ಗಿಡದ ಬೇಲಿ ಇರುವಲ್ಲಿ ತಂತಿ ಹಾಕಿಸುವುದಿಲ್ಲ. ಕಂಡಿ ಇರುವಲ್ಲಿ ಮಾತ್ರ ಹಾಕಿಸುತ್ತಾನೆ. ಫಾರ್ವರ್ಡ್ ಕರಾರು ಬೇಕಾದರೆ ಉಳಿದ 30,000 ಡಾಲರಿಗೆ ಸಾಕು.

ಇನ್ನೊಂದು ಉಳಿತಾಯವೂ ಇದೆ. ಬ್ಯಾಂಕು ಡಾಲರು ಕೊಳ್ಳುವ ದರ ಬೇರೆ, ಮಾರುವ ದರ ಬೇರೆ. ನಡುವಿನ ಅಂತರ 40 ಪೈಸೆ ಎಂದುಕೊಂಡರೂ, 1,20,000 ಡಾಲರನ್ನು ಒಮ್ಮೆ ಕೊಂಡು ಇನ್ನೊಮ್ಮೆ ಅಷ್ಟನ್ನೇ ಮಾರಿದವನು 48,000 ರೂಪಾಯಿಯನ್ನು ಸುಮ್ಮನೆ ಬಿಟ್ಟುಕೊಟ್ಟಂತೆ. ಇದಕ್ಕಾಗಿಯೇ ರಫ್ತುದಾರರಿಗೆ ಇ.ಇ.ಎಫ್.ಸಿ. ಎಂಬ ಡಾಲರು ಖಾತೆಯ ಸೌಲಭ್ಯವಿದೆ. ಬಂದ ಡಾಲರನ್ನು ಅದರಲ್ಲಿಟ್ಟು ಮುಂದಿನ ಬೀಜದ ಬಿಲ್ಲಿಗೆ ಕೊಡಬಹುದು. ಆದರೆ ಆ ಖಾತೆಗೆ ಬಡ್ಡಿ ಇಲ್ಲ. ಉಪಯೋಗಿಸದೆ ಉಳಿದ ಹಣವನ್ನು, ಮುಂದೆ ಕೊಡಬೇಕಾದ್ದೆಂದು ಗೊತ್ತುಮಾಡಿದ್ದನ್ನು ಬಿಟ್ಟು, ಸಾಮಾನ್ಯವಾಗಿ ಮುಂದಿನ ತಿಂಗಳ ಕೊನೆಯೊಳಗೆ ರೂಪಾಯಿಗೆ ಬದಲಿಸಬೇಕು. ಡಾಲರು ಏರಲಿ ಎಂದು ಕಾದು ಕೂರುವವರಿಗಾಗಿ ಮಾಡಿದ ಖಾತೆ ಅದಲ್ಲ.

ಇನ್ನು ನೆಟ್ಟಿಂಗ್. ಹಳ್ಳಿಯ ಅಂಗಡಿಯಲ್ಲಿ ಇದನ್ನು ವಜಾ ಹಾಕಿಕೊಳ್ಳುವುದು ಎನ್ನುತ್ತಾರೆ. ರೈತ ಅಂಗಡಿಗೆ ಅಡಕೆ ಹಾಕುತ್ತಾನೆ, ಅಲ್ಲಿಂದಲೇ ಸಾಮಾನು ಒಯ್ಯುತ್ತಾನೆ. ವರ್ಷದ ಕೊನೆಗೆ ಅಂಗಡಿಯವನು ಬಾಕಿಯನ್ನು ಮಾತ್ರ ಎಣಿಸಿ ಕೊಡುತ್ತಾನೆ. ಬೀಜ ಮಾರುವ ವಿದೇಶಿ ವ್ಯಾಪಾರಿಯೇ ತಿರುಳನ್ನೂ ಕೊಳ್ಳುವವನಾದರೆ, 1,50,000 ಅತ್ತಲಿಂದ, 1,20,000 ಇತ್ತಲಿಂದ ಎಂದು ಎರಡು ಸಲ ಹಣ ಓಡಾಡುವ ಬದಲು ಅವನು 30,000 ಡಾಲರು ಕಳಿಸಿದರೆ ಮುಗಿಯಿತು. ಆದರೆ ಇದನ್ನು ಇಬ್ಬರೇ ಕೂತು ತೀರ್ಮಾನಿಸುವಂತಿಲ್ಲ. ವಿದೇಶಿ ವಿನಿಮಯದ ಅಧಿಕಾರವಿರುವ ಬ್ಯಾಂಕು ಎರಡೂ ಕಡೆಯ ದಾಖಲೆ ನೋಡಿ, ರಿಸರ್ವ್ ಬ್ಯಾಂಕಿನ ನಿಯಮದಂತೆ ಒಪ್ಪಬೇಕು. ಕಾಗದದಲ್ಲಿ ಆಮದು ಪೂರ್ತಿ 1,20,000, ರಫ್ತು ಪೂರ್ತಿ 1,50,000 ಎಂದೇ ತೋರಿಸಬೇಕು. ವಜಾ ಆಗುವುದು ಹಣದ ಓಡಾಟವೇ ಹೊರತು ವ್ಯಾಪಾರದ ಲೆಕ್ಕವಲ್ಲ.

ಈ ಬೇಲಿ ಮುರಿಯುವುದು ಎಲ್ಲಿ? ಗೋಡಂಬಿಯ ವಿಷಯದಲ್ಲಿ ಉತ್ತರ ನಮ್ಮ ಸಿಹಿತಿಂಡಿಯ ಅಂಗಡಿಗಳಲ್ಲೇ ಇದೆ. ಭಾರತದಲ್ಲಿ ಗೋಡಂಬಿ ತಿನ್ನುವವರು ಹೆಚ್ಚಿದ್ದಾರೆ. ಇತ್ತ ತಿರುಳಿನ ರಫ್ತಿನಲ್ಲಿ ವಿಯೆಟ್ನಾಂ ಭಾರತವನ್ನು ಹಿಂದೆ ಹಾಕಿದೆ. ಮೇಲಿನ ಕಾರ್ಖಾನೆ ಅರ್ಧ ತಿರುಳನ್ನು ದೀಪಾವಳಿಯ ಮಾರುಕಟ್ಟೆಗೆ ರೂಪಾಯಿಯಲ್ಲಿ ಮಾರಿತೆನ್ನಿ. ಈಗ ಬರುವ ಡಾಲರು 75,000; ತೀರಿಸಬೇಕಾದ ಸಾಲ 1,20,000. ಅಂದರೆ 45,000 ಡಾಲರನ್ನು ಪೇಟೆಯಲ್ಲಿ ಕೊಳ್ಳಬೇಕು. ಮೊದಲು ಡಾಲರು ಇಳಿದರೆ ಅಂಜುತ್ತಿದ್ದವನು ಈಗ ಏರಿದರೆ ಅಂಜಬೇಕು. 2013ರ ಮೇ ತಿಂಗಳ ಆರಂಭದಲ್ಲಿ 54 ರೂಪಾಯಿಯ ಹತ್ತಿರವಿದ್ದ ಡಾಲರು ಆಗಸ್ಟ್ ಕೊನೆಯ ವಾರದಲ್ಲಿ 68 ದಾಟಿತ್ತು. ಅಂಥ ನಾಲ್ಕು ತಿಂಗಳು ಬಂದರೆ 45,000 ಡಾಲರಿನ ಕಂಡಿಯಲ್ಲಿ ಆರು ಲಕ್ಷಕ್ಕೂ ಹೆಚ್ಚು ರೂಪಾಯಿ ಸೋರಿಹೋಗುತ್ತದೆ. ರಫ್ತಿಗೆಂದು ತೆಗೆದ ಸಾಲವನ್ನು ರಫ್ತು ಮಾಡದೆ ತೀರಿಸಿದ್ದಕ್ಕೆ ಬ್ಯಾಂಕಿನ ದಂಡದ ಬಡ್ಡಿ ಬೇರೆ. ಡಾಲರು ಬಾರದವನಿಗೆ ಡಾಲರು ಸಾಲ ಬೇಲಿಯಲ್ಲ, ಹೊಂಡ.

ತಿರುಳಿನ ಹಣ ಯೂರೋದಲ್ಲಿ ಬಂದರೂ ಬೇಲಿ ಸಡಿಲವಾಗುತ್ತದೆ, ಯಾಕೆಂದರೆ ಯೂರೋ ಮತ್ತು ಡಾಲರು ಸದಾ ಜೊತೆಯಾಗಿ ನಡೆಯುವುದಿಲ್ಲ. ತಿರುಳಿನ ಬೆಲೆಯೇ ಕುಸಿದರೆ ಈ ಬೇಲಿ ಏನೂ ಮಾಡಲಾರದು. ಅದು ಕಾಯುವುದು ಹಣದ ದರವನ್ನು, ಸರಕಿನ ಬೆಲೆಯನ್ನಲ್ಲ. ಡಾಲರು 88 ರೂಪಾಯಿಗೆ ಏರಿದ ವರ್ಷ ಬೇಲಿ ಹಾಕದ ನೆರೆಯವನಿಗೆ ನಾಲ್ಕೂವರೆ ಲಕ್ಷ ಹೆಚ್ಚು ಸಿಗುತ್ತದೆ, ಬೇಲಿಯವನಿಗೆ 90,000 ಮಾತ್ರ. ದನ ಒಳಗೆ ನುಗ್ಗದಂತೆ ಹಾಕಿದ ಬೇಲಿ ಹೊರಗಿನ ಮೇವಿಗೂ ಅಡ್ಡವಾಗುತ್ತದೆ.

ಬೇಲಿ ಗಟ್ಟಿಯಿದೆಯೇ ಎಂದು ತಿಳಿಯಲು ಎರಡು ಪರೀಕ್ಷೆಗಳಿವೆ. ಮೊದಲನೆಯದಕ್ಕೆ ನೋಟ್‌ಪುಸ್ತಕದ ಒಂದು ಹಾಳೆ ಸಾಕು. ಪ್ರತಿ ತಿಂಗಳ ಎದುರು ಬರುವ ಡಾಲರು, ಹೋಗುವ ಡಾಲರು, ಉಳಿಕೆ ಎಂದು ಮೂರು ಕಂಬ ಎಳೆಯಬೇಕು. ವರ್ಷದ ಮೊತ್ತವನ್ನಷ್ಟೇ ನೋಡಿದರೆ ಕಣ್ಣಿಗೆ ಮಣ್ಣೆರಚಿದಂತಾಗುತ್ತದೆ. ಮೇಲಿನ ಕಾರ್ಖಾನೆಯ ವರ್ಷದ ಉಳಿಕೆ 30,000. ಆದರೆ ಸಾಲ ತೆಗೆಯದಿದ್ದರೆ ಮಾರ್ಚಿನ ಸಾಲಿನಲ್ಲಿ 1,20,000ದ ಕೊರತೆ ಎದ್ದು ಕಾಣುತ್ತದೆ. ಆಫ್ರಿಕದ ಬೀಜದ ಖರೀದಿ ಹಂಗಾಮಿನ ಕೆಲವೇ ತಿಂಗಳಲ್ಲಿ ಮುಗಿಯುತ್ತದೆ, ತಿರುಳಿನ ಹಣವಾದರೋ ವರ್ಷವಿಡೀ ಹನಿಹನಿಯಾಗಿ ಬರುತ್ತದೆ. ಆದ್ದರಿಂದ ತಿಂಗಳ ಲೆಕ್ಕವೇ ನಿಜವಾದ ಲೆಕ್ಕ.

ಎರಡನೆಯದು ಒಂದು ರೂಪಾಯಿಯ ಪರೀಕ್ಷೆ. ಡಾಲರು ಒಂದು ರೂಪಾಯಿ ಅತ್ತಿತ್ತ ಆದರೆ ಲಾಭ ಎಷ್ಟು ಅಲುಗುತ್ತದೆ ಎಂದು ಲೆಕ್ಕ ಹಾಕಬೇಕು. ಡಾಲರು ಸಾಲದ ದಾರಿಯಲ್ಲಿ ಅದು 30,000 ರೂಪಾಯಿ. ರೂಪಾಯಿ ಸಾಲದ ದಾರಿಯಲ್ಲಿ 1,50,000. ಉತ್ತರವು ಉಳಿಕೆಯ ಡಾಲರಿಗಿಂತ ದೊಡ್ಡದಾಗಿ ಬಂದರೆ ಎಲ್ಲೋ ಒಂದು ಎಳೆತ ಎದುರಾಳಿಯಿಲ್ಲದೆ ಉಳಿದಿದೆ ಎಂದೇ ಅರ್ಥ. ಅದು ಯಾವ ತಿಂಗಳಿನದು, ಯಾವ ಬಿಲ್ಲಿನದು ಎಂಬುದನ್ನು ಆ ಮೂರು ಕಂಬದ ಹಾಳೆಯೇ ತೋರಿಸುತ್ತದೆ.